ಕ್ರಯಪತ್ರದಲ್ಲಿ ಒಂದು ಅಕ್ಷರ: ಯಾವ ತಪ್ಪನ್ನು ನಾನೇ ತಿದ್ದುತ್ತೇನೆ, ಯಾವುದನ್ನು ಕೇಳಿ ತಿದ್ದುತ್ತೇನೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಾನು ಜಮೀನಿನ ಪತ್ರಗಳನ್ನು ಬರೆದುಕೊಡುತ್ತೇನೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಕರಾರು ಇವೇ ನನ್ನ ದಿನದ ಕೆಲಸ. ಜನ ಊರಿನಲ್ಲೇ ಹಿರಿಯರ ಕೈಯಲ್ಲಿ ಕರಡು ಬರೆಸಿಕೊಂಡು ಬರುತ್ತಾರೆ. ನಾನು ಅದನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ, ಓದಿ ಹೇಳಿ, ನೋಂದಣಿಗೆ ಸಿದ್ಧಗೊಳಿಸುತ್ತೇನೆ. ಹಾಗಾಗಿ ತಪ್ಪುಗಳು ನನ್ನ ಬಳಿಗೆ ಎರಡು ಕಡೆಯಿಂದ ಬರುತ್ತವೆ: ಕರಡಿನಲ್ಲೇ ಇದ್ದವು ಕೆಲವು, ನನ್ನ ಬೆರಳಿನಿಂದ ಆದವು ಕೆಲವು.

ಮೊದಲ ವರ್ಷಗಳಲ್ಲಿ ಎಲ್ಲ ತಪ್ಪನ್ನೂ ಒಂದೇ ತೂಕದಲ್ಲಿ ನೋಡುತ್ತಿದ್ದೆ. 'ಕಛೇರಿ'ಯೋ 'ಕಚೇರಿ'ಯೋ ಎಂದು ಹತ್ತು ನಿಮಿಷ ಕಳೆದು, ಅದೇ ಪುಟದಲ್ಲಿದ್ದ ನಿಜವಾದ ಅಪಾಯವನ್ನು ಕಾಣದೆ ಮುಂದೆ ಹೋಗಿದ್ದೇನೆ. ಈಗ ಯಾವ ತಪ್ಪು ಕಣ್ಣಿಗೆ ಬಿದ್ದರೂ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಲ್ಲಿ ಬಿದ್ದಿರುವ ಪದ ತಾನೇ ಒಂದು ಪದವಾಗಿ ಈ ವಾಕ್ಯದಲ್ಲಿ ನಿಲ್ಲುತ್ತದೆಯೇ?

ನಾನು ಬಳಸುವ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಜೊತೆಗೆ ಒತ್ತಿದರೆ ಳ, ಬರೀ ಒತ್ತಿದರೆ ಲ. ಅವಸರದಲ್ಲಿ ಶಿಫ್ಟ್ ತಪ್ಪಿದರೆ 'ಕೊಳವೆ ಬಾವಿ' 'ಕೊಲವೆ ಬಾವಿ' ಆಗುತ್ತದೆ. 'ಕೊಲವೆ' ಎಂಬ ಪದವೇ ಕನ್ನಡದಲ್ಲಿ ಇಲ್ಲ. ಓದುವವರು ಯಾರೇ ಆದರೂ 'ಕೊಳವೆ' ಎಂದೇ ಓದುತ್ತಾರೆ, ಬೇರೆ ದಾರಿಯೇ ಇಲ್ಲ. ಇಂಥದ್ದನ್ನು ಯಾರನ್ನೂ ಕೇಳದೆ ತಿದ್ದುತ್ತೇನೆ. ಅದೇ ಬೆರಳು ಅದೇ ಕೀಲಿಯ ಮೇಲೆ ತಪ್ಪಿ 'ಬೆಳೆ' 'ಬೆಲೆ' ಆಯಿತು ಎಂದುಕೊಳ್ಳಿ. ನಮ್ಮದು ಮಾವಿನ ಸೀಮೆ. ತೋಟ ಮಾರುವಾಗ ಮರದ ಮೇಲೆ ಕಾಯಿ ಇರುತ್ತದೆ, ಎಷ್ಟೋ ಸಲ ಆ ಕಾಯಿಯನ್ನು ವ್ಯಾಪಾರಿಗೆ ಮೊದಲೇ ಒಪ್ಪಿಸಿ ಮುಂಗಡ ಪಡೆದಿರುತ್ತಾರೆ. 'ಈ ಸಾಲಿನ ಮಾವಿನ ಬೆಳೆ ಬರೆದುಕೊಟ್ಟವರಿಗೆ ಸೇರಿದ್ದು' ಎಂದರೆ ಕಾಯಿ ಕೀಳುವ ಹಕ್ಕು ಮಾರಿದವರದು, ಅವರು ಕೊಯ್ಲು ಮುಗಿಯುವವರೆಗೆ ತೋಟದೊಳಗೆ ಬರಬಹುದು. 'ಮಾವಿನ ಬೆಲೆ ಬರೆದುಕೊಟ್ಟವರಿಗೆ ಸೇರಿದ್ದು' ಎಂದರೆ ವ್ಯಾಪಾರಿ ಕೊಡುವ ಹಣ ಅವರದು ಎಂದಷ್ಟೇ ಆಗುತ್ತದೆ. ಎರಡೂ ಸರಿಯಾದ ಕನ್ನಡ, ಎರಡೂ ನಡೆಯುವ ವ್ಯವಹಾರ. ಇಲ್ಲಿ ನನ್ನ ಊಹೆಗೆ ಜಾಗವಿಲ್ಲ, ಕೇಳಲೇಬೇಕು.

ಕಂಪ್ಯೂಟರಿನ ಪದಪರೀಕ್ಷಕವನ್ನು ನೆಚ್ಚಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದು ಕೆಂಪು ಗೆರೆ ಎಳೆಯುವುದು ನಿಘಂಟಿನಲ್ಲಿ ಇಲ್ಲದ ಪದಕ್ಕೆ. 'ಕೊಲವೆ'ಯನ್ನು ಹಿಡಿಯುತ್ತದೆ, 'ಬೆಲೆ'ಯನ್ನು ಬಿಟ್ಟುಬಿಡುತ್ತದೆ. ಅಂದರೆ ಅದು ತೋರಿಸುವುದರಲ್ಲಿ ಬಹುಪಾಲು ಅಪಾಯವಿಲ್ಲದ ತಪ್ಪುಗಳು. ಅಪಾಯದ ತಪ್ಪು ನಿಘಂಟಿನ ಒಳಗೇ, ಒಳ್ಳೆಯ ಪದದ ವೇಷದಲ್ಲಿ ಕೂತಿರುತ್ತದೆ.

ಕನ್ನಡದಲ್ಲಿ ಇನ್ನೊಂದು ಜಾಗ ಬಹಳ ಮೋಸದ್ದು, ಅದು ವಾಕ್ಯದ ಕೊನೆ. ನಿಷೇಧ ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲಿ ಬರುತ್ತದೆ. 'ಇರುವುದಿಲ್ಲ' ಎಂಬಲ್ಲಿ ಕೊನೆಯ ತುಂಡು ಬಿದ್ದುಹೋದರೆ 'ಇರುವುದು' ಉಳಿಯುತ್ತದೆ. 'ಯಾವುದೇ ಸಾಲ, ಅಡಮಾನ ಇರುವುದು' ಎಂದಾದರೆ 'ಯಾವುದೇ' ಎಂಬ ಪದವೇ ಎಡವಿಸುತ್ತದೆ, ಓದುವವರು ನಿಂತು ನೋಡುತ್ತಾರೆ. ಆದರೆ ಒಂದು ವಿಭಾಗಪತ್ರದಲ್ಲಿ ಅಣ್ಣನ ಭಾಗದ ಮೂಲಕ ತಮ್ಮನಿಗೆ 'ಬಂಡಿ ದಾರಿಯ ಹಕ್ಕು ಇರುವುದಿಲ್ಲ' ಎಂದಿದ್ದುದನ್ನು ನಾನು 'ಇರುವುದು' ಎಂದು ಬೆರಳಚ್ಚು ಮಾಡಿದೆ. ಓದಿ ಹೇಳುವಾಗ ಮನಸ್ಸಿನಲ್ಲಿದ್ದುದನ್ನೇ ಓದಿದೆನೇ ಹೊರತು ಹಾಳೆಯ ಮೇಲಿದ್ದುದನ್ನಲ್ಲ. ಪತ್ರ ನೋಂದಣಿಯೂ ಆಯಿತು. ಗೊತ್ತಾದದ್ದು ಮುಂದಿನ ವರ್ಷ, ತಮ್ಮ ಆ ದಾರಿಯಲ್ಲಿ ಟ್ರ್ಯಾಕ್ಟರ್ ತಂದಾಗ. ತಿದ್ದುಪಡಿ ಪತ್ರಕ್ಕೆ ಇಬ್ಬರೂ ಒಪ್ಪಿ ಬಂದು ಸಹಿ ಹಾಕಬೇಕು. ಒಬ್ಬರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ಬರಹದಲ್ಲಿರುವುದು ಇಬ್ಬರ ನಿಜವಾದ ಉದ್ದೇಶವಲ್ಲ ಎಂದು ರುಜುವಾತು ಮಾಡಬೇಕಾಗುತ್ತದೆ. ಆ ತಮ್ಮ ಒಪ್ಪಿ ಬಂದ. ಬರದೆ ಇದ್ದಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಅಂದಿನಿಂದ ಪ್ರತಿ ಪತ್ರದಲ್ಲೂ ಕೊನೆಯ ಸಲ ಬರೀ ಕ್ರಿಯಾಪದಗಳನ್ನು ಮಾತ್ರ, ಕೊನೆಯ ವಾಕ್ಯದಿಂದ ಮೇಲಕ್ಕೆ, ಬೆರಳಿಟ್ಟು ಓದುತ್ತೇನೆ. ಕೆಳಗಿನಿಂದ ಓದಿದರೆ ಅರ್ಥದ ಓಘ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ.

ಕೇಳಬೇಕು ಎಂದು ತೀರ್ಮಾನವಾದ ಮೇಲೆ ಹೇಗೆ ಕೇಳುವುದು ಎಂಬುದೇ ದೊಡ್ಡ ವಿಷಯ. ಇದನ್ನು ಒಂದು ಕರಡು ನನಗೆ ಚೆನ್ನಾಗಿ ಕಲಿಸಿತು.

ಒಬ್ಬ ರೈತರು ತಮ್ಮ 2 ಎಕರೆ 20 ಗುಂಟೆಯಲ್ಲಿ ಅರ್ಧ, ಅಂದರೆ 1 ಎಕರೆ 10 ಗುಂಟೆ ಮಾರುತ್ತಿದ್ದರು. ಕರಡಿನಲ್ಲಿ ಒಂದು ಸಾಲು: 'ಕೊಳವೆ ಬಾವಿಯಿಂದ ವಾರದಲ್ಲಿ ಮೂರು ದಿನ ನೀರು ಹಾಯಿಸಿಕೊಳ್ಳುವ ಹಕ್ಕು ನಮ್ಮದಾಗಿರುತ್ತದೆ.' ಬರೆದವರ ಕೈಬರಹದಲ್ಲಿ ನ ಮತ್ತು ತ ಅಣ್ಣತಮ್ಮಂದಿರಂತೆ ಇದ್ದವು. ಒಂದೇ ಪುಟದಲ್ಲಿ ಬೇರೆ ಕಡೆಯ ನ, ತ ಎರಡನ್ನೂ ಹುಡುಕಿ ಪಕ್ಕಕ್ಕಿಟ್ಟು ನೋಡಿದೆ, ತೀರ್ಮಾನಕ್ಕೆ ಬರಲಾಗಲಿಲ್ಲ. ಕ್ರಯಪತ್ರದಲ್ಲಿ ಮಾರುವವರು ಕೊಳ್ಳುವವರಿಗೆ ಹೇಳಿದಂತೆ ಮಾತು ಸಾಗುತ್ತದೆ. 'ನಮ್ಮದು' ಎಂದರೆ ಮಾರುವವರದು, 'ತಮ್ಮದು' ಎಂದರೆ ಕೊಳ್ಳುವವರದು. ಬಾವಿ ಮಾರಿದ ಭಾಗದಲ್ಲಿದ್ದರೆ ಮಾರಿದವರು ತಮಗೆ ಮೂರು ದಿನ ಉಳಿಸಿಕೊಂಡಿದ್ದಾರೆ ಎಂದು 'ನಮ್ಮದು' ಸರಿಹೋಗುತ್ತದೆ. ಬಾವಿ ಉಳಿಸಿಕೊಂಡ ಭಾಗದಲ್ಲಿದ್ದರೆ ಕೊಳ್ಳುವವರಿಗೆ ಮೂರು ದಿನ ಕೊಟ್ಟಿದ್ದಾರೆ ಎಂದು 'ತಮ್ಮದು' ಸರಿಹೋಗುತ್ತದೆ. ಬಾವಿ ಎಲ್ಲಿದೆ ಎಂಬುದು ಷೆಡ್ಯೂಲಿನಲ್ಲೂ ಇರಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ನಮ್ಮ ಕಡೆ ಆ ಮೂರು ದಿನದ ನೀರು ಜಮೀನಿನಷ್ಟೇ ಬೆಲೆಯದು.

ಇಲ್ಲಿ 'ಇದು ತಮ್ಮದು ಅಂತ ತಾನೇ?' ಎಂದು ಕೇಳಬಾರದು. ಬರಹದವರು ಕೇಳುತ್ತಿದ್ದಾರೆ, ಅವರಿಗೆ ಗೊತ್ತಿದ್ದೇ ಕೇಳುತ್ತಾರೆ ಎಂಬ ಗೌರವದಲ್ಲಿ ಜನ 'ಹೌದು ಸ್ವಾಮಿ' ಎಂದುಬಿಡುತ್ತಾರೆ. ಆ 'ಹೌದು' ಉತ್ತರವಲ್ಲ. ನಾನು ಪದದ ಸುದ್ದಿಯನ್ನೇ ಎತ್ತದೆ, ಮೊದಲು ಮಾರುವವರನ್ನು ಕೇಳಿದೆ:

"ಯಜಮಾನರೇ, ಬಾವಿ ಯಾವ ಭಾಗದಲ್ಲಿದೆ?"

"ನಾನು ಇಟ್ಟುಕೊಂಡಿರುವ ಭಾಗದಲ್ಲಿ, ಹುಣಸೆ ಮರದ ಹತ್ತಿರ."

"ಸೋಮವಾರದಿಂದ ಭಾನುವಾರದವರೆಗೆ ಮೋಟಾರು ಯಾರು ಯಾವತ್ತು ಹಾಕುತ್ತೀರಿ?"

"ಅವರು ಮೂರು ದಿನ, ಮಿಕ್ಕಿದ್ದು ನಾನು."

ಅಕ್ಷರ ತ ಎಂದು ತೀರ್ಮಾನವಾಯಿತು. ಆದರೂ ಕೊಳ್ಳುವವರನ್ನು ಬೇರೆಯಾಗಿ ಕೂರಿಸಿ ಅದೇ ಪ್ರಶ್ನೆ ಕೇಳಿದೆ. ಅವರೂ ಮೂರು ದಿನ ಎಂದರು. ಹಾಗೆಯೇ ಒಂದು ಮಾತು ಸೇರಿಸಿದರು: "ಕರೆಂಟು ಬಂದಷ್ಟೂ ಹೊತ್ತು, ರಾತ್ರಿಯೂ ಸೇರಿ." ಮಾರುವವರ ಮನಸ್ಸಿನಲ್ಲಿ ದಿನ ಎಂದರೆ ಹಗಲು ಮಾತ್ರ ಇತ್ತು. ಪಂಪ್‌ಸೆಟ್‌ಗೆ ಕರೆಂಟು ಎಷ್ಟೋ ಸಲ ಬರುವುದೇ ರಾತ್ರಿ. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಾತನಾಡಿ, ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಒಂದು ದಿನ ಎಂದು ಒಪ್ಪಿಕೊಂಡರು. ಅಕ್ಷರದ ಅನುಮಾನ ಕೇಳಲು ಹೋಗಿ, ಅವರೇ ತೀರ್ಮಾನಿಸಿಕೊಂಡಿರದ ವಿಷಯ ಹೊರಬಂತು. ಹೀಗೆ ಆಗುವುದು ಅಪರೂಪವಲ್ಲ. ಬರೆದವರ ಮನಸ್ಸಿನಲ್ಲೇ ಮಸುಕಾಗಿದ್ದುದು ಕರಡಿನಲ್ಲೂ ಮಸುಕಾಗಿಯೇ ಇಳಿದಿರುತ್ತದೆ.

ಆ ಸಾಲಿನಲ್ಲಿ ಬರೀ ನ ತೆಗೆದು ತ ಹಾಕಿ ಬಿಡಲಿಲ್ಲ. 'ತಮ್ಮ' ಎಂದರೆ ನಿಮ್ಮದೂ ಆಗುತ್ತದೆ, ತಂತಮ್ಮದೂ ಆಗುತ್ತದೆ, ಒಡಹುಟ್ಟಿದವನೂ ಆಗುತ್ತಾನೆ. ಒಂದು ಅಕ್ಷರ ಜಾರಿದರೆ ಹಕ್ಕು ಕೈಬದಲಾಗುವ ಕಡೆ ಸರ್ವನಾಮವನ್ನೇ ತೆಗೆದುಬಿಡುತ್ತೇನೆ. ಹೊಸ ಸಾಲು ಹೀಗಾಯಿತು: 'ಬರೆದುಕೊಟ್ಟವರು ಉಳಿಸಿಕೊಂಡಿರುವ ಭಾಗದಲ್ಲಿನ ಕೊಳವೆ ಬಾವಿಯಿಂದ ಪ್ರತಿ ವಾರ 3 (ಮೂರು) ದಿನ ನೀರು ಹಾಯಿಸಿಕೊಳ್ಳುವ ಹಕ್ಕು ಕೊಂಡವರಾದ ಎರಡನೇ ಪಕ್ಷದವರಿಗೆ ಇರುತ್ತದೆ.' ಕೆಳಗೆ ದಿನದ ವಿವರಣೆ. 'ಬರೆಸಿಕೊಂಡವರು' ಎಂಬುದು ರೂಢಿಯ ಮಾತಾದರೂ 'ಬರೆದುಕೊಟ್ಟವರು' ಪಕ್ಕದಲ್ಲಿ ಬಂದರೆ ಅವಸರದ ಓದಿನಲ್ಲಿ ಗೊಂದಲ. ಅದಕ್ಕೇ 'ಕೊಂಡವರಾದ ಎರಡನೇ ಪಕ್ಷದವರು' ಎಂದೆ. ಈಗ ಈ ಸಾಲಿನಲ್ಲಿ ಯಾವ ಒಂದು ಅಕ್ಷರ ಕೆಟ್ಟರೂ ಓದುವವರಿಗೆ ಅದು ತಪ್ಪೆಂದು ಕಾಣುತ್ತದೆ, ಬೇರೆ ಅರ್ಥವಾಗಿ ಕಾಣುವುದಿಲ್ಲ.

ಅಂಕಿಗಳ ವಿಷಯ ಬೇರೆ. ಅಲ್ಲಿ ಬಹುಪಾಲು ತಪ್ಪುಗಳು ಸರಿಯಾದ ಅಂಕಿಯಂತೆಯೇ ಕಾಣುತ್ತವೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ '1 ಎಕರೆ 42 ಗುಂಟೆ' ಎಂದು ಬಿದ್ದರೆ ಕೂಡಲೇ ತಿಳಿಯುತ್ತದೆ. 12ರ ಜಾಗದಲ್ಲಿ 21 ಬಿದ್ದರೆ, ಸರ್ವೆ ನಂಬರಿನಲ್ಲಿ 45 ಹೋಗಿ 54 ಆದರೆ, ಎಷ್ಟು ಸಲ ಓದಿದರೂ ತಿಳಿಯುವುದಿಲ್ಲ. ಅಕ್ಷರದಲ್ಲೂ ಬರೆಯುವುದು ಸ್ವಲ್ಪ ಕಾಪಾಡುತ್ತದೆ, ಆದರೆ ತಪ್ಪು ಕರಡಿನಿಂದಲೇ ಬಂದಿದ್ದರೆ ಅಕ್ಷರವೂ ಅದೇ ತಪ್ಪನ್ನು ಹೇಳುತ್ತದೆ. ಆದ್ದರಿಂದ ಅಂಕಿಗೆ ಬಾಯಿಮಾತನ್ನು ಕೇಳುವುದಿಲ್ಲ, ಪಹಣಿಯನ್ನೇ ಮುಂದಿಟ್ಟುಕೊಂಡು ತಾಳೆ ನೋಡುತ್ತೇನೆ. ಹೆಸರೂ ಹಾಗೆಯೇ. ನಮ್ಮ ಕಡೆ ಮುನಿಯಪ್ಪ, ಮುನಿಯಮ್ಮ ಮನೆಮನೆಯಲ್ಲೂ ಇದ್ದಾರೆ, ಒಂದು ಒತ್ತಕ್ಷರದಲ್ಲಿ ಗಂಡ ಹೋಗಿ ಹೆಂಡತಿ ಬರುತ್ತಾರೆ.

ಚಕ್ಕುಬಂದಿಗೆ ಮಾತ್ರ ದಾಖಲೆಯೂ ಬೇಕು, ಮಾತೂ ಬೇಕು. ಹಳೆಯ ಪತ್ರಗಳಲ್ಲಿ ಮೂಡಲು, ಪಡುವಲು ಎಂದಿರುತ್ತದೆ. ತೆಲುಗು ಮನೆಮಾತಿನವರು ತೂರ್ಪು, ಪಡಮರ ಎನ್ನುತ್ತಾರೆ. ಇವುಗಳನ್ನು ಪೂರ್ವ, ಪಶ್ಚಿಮ ಎಂದು ಬರೆದುಕೊಳ್ಳುವ ಗಡಿಬಿಡಿಯಲ್ಲಿ ದಿಕ್ಕು ಅದಲುಬದಲಾಗುತ್ತದೆ. ದಿಕ್ಕಿನ ಹೆಸರು ಹಿಡಿದು ಕೇಳಿದರೆ ಉತ್ತರವೂ ಅಷ್ಟೇ ಗಡಿಬಿಡಿ. ನಾನು ಕೇಳುವುದು, "ಬೆಳಿಗ್ಗೆ ನಿಮ್ಮ ಹೊಲದಲ್ಲಿ ನಿಂತರೆ ಸೂರ್ಯ ಯಾರ ಹೊಲದ ಕಡೆಯಿಂದ ಹುಟ್ಟುತ್ತಾನೆ?" ಎಂದು. ವಯಸ್ಸಾದವರು ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿ ಕೈ ಚಾಚಿ ತೋರಿಸುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ. ಆ ಹೆಸರು ನನ್ನ ಹಾಳೆಯ ಪೂರ್ವದ ಸಾಲಿನಲ್ಲಿ ಇದ್ದರೆ ಮುಂದಿನ ಸಾಲಿಗೆ ಹೋಗುತ್ತೇನೆ.

ಇಷ್ಟಾದರೂ ಮುದ್ರಿಸಿದ ಮೇಲೆ ಏನಾದರೂ ಕಂಡರೆ ಪೆನ್ನಿನಲ್ಲಿ ತಿದ್ದಿ ಕಳುಹಿಸುವುದಿಲ್ಲ. ನೋಂದಣಿ ಕಾಯ್ದೆಯ 20ನೇ ಕಲಮಿನ ಪ್ರಕಾರ ಹೊಡೆದುಹಾಕಿದ, ಸಾಲಿನ ನಡುವೆ ಸೇರಿಸಿದ ಕಡೆಯಲ್ಲೆಲ್ಲ ಬರೆದುಕೊಡುವವರ ಸಹಿ ಬೇಕು, ಇಲ್ಲದಿದ್ದರೆ ಉಪನೋಂದಣಾಧಿಕಾರಿ ಪತ್ರವನ್ನು ತೆಗೆದುಕೊಳ್ಳದೆ ವಾಪಸು ಕಳುಹಿಸಬಹುದು. 'ಕೊಲವೆ'ಯಂಥದ್ದಾದರೆ ಹಾಗೆಯೇ ಬಿಟ್ಟರೂ ಯಾರ ಹಕ್ಕಿಗೂ ಕುತ್ತಿಲ್ಲ, ಸಮಯವಿದ್ದರೆ ಆ ಪುಟ ಬದಲಿಸುತ್ತೇನೆ. 'ಬೆಲೆ'ಯಂಥದ್ದಾದರೆ ಅಂದಿನ ಸರದಿ ತಪ್ಪಿದರೂ ಸರಿ, ಇಬ್ಬರನ್ನೂ ಮತ್ತೆ ಕರೆದು ಕೂರಿಸಿ, ಆ ಸಾಲನ್ನು ಕೇಳಿ, ಪುಟವನ್ನು ಹೊಸದಾಗಿ ತೆಗೆಯುತ್ತೇನೆ.