ಒಡೆದ ಪಾರ್ಸೆಲ್ಲಿನ ಫೋಟೊ: ರೀಫಂಡ್ ಕೊಡುವ ಮುನ್ನ ಏನೇನು ನೋಡಬೇಕು?

ಒಡೆದ ಸಾಮಾನಿನ ಫೋಟೊ ಬಂದ ಕೂಡಲೇ ಹೆಚ್ಚಿನವರು ಒಡೆದ ಜಾಗವನ್ನೇ ಹಿಗ್ಗಿಸಿ ನೋಡುತ್ತಾರೆ. ‘ಹೌದು, ಒಡೆದಿದೆ’ ಅಂತ ಹಣ ಕೊಟ್ಟುಬಿಡುತ್ತಾರೆ. ಇಲ್ಲವೇ ‘ಯಾಕೋ ಅನುಮಾನ’ ಅಂತ ತಿರಸ್ಕರಿಸುತ್ತಾರೆ. ಕ್ಲೇಮ್ ನೋಡುವ ಕೆಲಸಕ್ಕೆ ಹೊಸದಾಗಿ ಬಂದವರ ಪಕ್ಕ ಕೂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಎರಡೂ ಬರೀ ಊಹೆ. ಒಂದರಲ್ಲಿ ಮಾರಿದವರಿಗೆ ನಷ್ಟ, ಇನ್ನೊಂದರಲ್ಲಿ ನಿಜವಾಗಿ ಒಡೆದ ಸಾಮಾನು ಸಿಕ್ಕವರಿಗೆ ಅನ್ಯಾಯ.

ಕೇಳಬೇಕಾದ ಪ್ರಶ್ನೆ ಬೇರೆ. ಕಳಿಸಿದ ಎಲ್ಲ ಫೋಟೊಗಳಲ್ಲಿ ಇರುವುದು ಒಂದೇ ಪೆಟ್ಟಿಗೆಯಾ? ಅದು ಈ ಆರ್ಡರಿನ ಪೆಟ್ಟಿಗೆಯೇನಾ?

ನಾನು ನೋಡಿದ ಒಂದು ಕ್ಲೇಮನ್ನೇ ಇಟ್ಟುಕೊಂಡು ಹೇಳುತ್ತೇನೆ. ಗಾಜಿನ ಶೇಡ್ ಇರುವ ಟೇಬಲ್ ಲ್ಯಾಂಪ್. ಬಂದದ್ದು ಮೂರು ಫೋಟೊ. ಮೊದಲನೆಯದರಲ್ಲಿ ಮುಚ್ಚಿದ ಪೆಟ್ಟಿಗೆ, ಅದರ ಒಂದು ಮೂಲೆ ಜಜ್ಜಿದೆ, ಪಕ್ಕದಲ್ಲೇ ಲೇಬಲ್ ಇದೆ. ಎರಡನೆಯದರಲ್ಲಿ ತೆರೆದ ಪೆಟ್ಟಿಗೆ, ಒಳಗೆ ಒಡೆದ ಲ್ಯಾಂಪ್. ಮೂರನೆಯದು ಬರೀ ಲೇಬಲ್.

1. ಮೂಲ ಫೈಲ್ ಕೇಳಿ

ವಾಟ್ಸ್‌ಆ್ಯಪಿನಲ್ಲಿ ಫೋಟೊ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನ, ಸಮಯ, ಫೋನಿನ ಮಾಡೆಲ್ ಎಲ್ಲ ಉದುರಿಹೋಗುತ್ತದೆ. ಅದಕ್ಕೇ ಡಾಕ್ಯುಮೆಂಟ್ ಆಗಿ ಅಥವಾ ಇಮೇಲಿಗೆ ಲಗತ್ತಿಸಿ ಕಳಿಸಿ ಅಂತ ಮೊದಲ ಪತ್ರದಲ್ಲೇ ಕೇಳಿ. ಬಂದ ಫೈಲಿನ ಒಳಗಿನ ಮಾಹಿತಿ ಓದಲು exiftool ಎಂಬ ಪ್ರೋಗ್ರಾಮಿನ ಈ ಒಂದು ಸಾಲು ಸಾಕು:

```
exiftool -a -G1 -s photo2.jpg
```

ನೋಡಬೇಕಾದದ್ದು `DateTimeOriginal`, `Model`, `Software` ಈ ಮೂರನ್ನು, ಅಂದರೆ ತೆಗೆದ ಸಮಯ, ಫೋನಿನ ಮಾಡೆಲ್, ಫೈಲ್ ಯಾವ ತಂತ್ರಾಂಶದಿಂದ ಬಂತು ಅನ್ನುವುದು. ನಮ್ಮ ಲ್ಯಾಂಪಿನ ಕ್ಲೇಮಿನಲ್ಲಿ ಒಂದನೇ ಮತ್ತು ಮೂರನೇ ಫೋಟೊ ಒಂದೇ ಫೋನಿನವು, ಕೆಲವೇ ನಿಮಿಷ ಅಂತರದಲ್ಲಿ ತೆಗೆದವು. ಎರಡನೆಯದರಲ್ಲಿ ಈ ಮಾಹಿತಿ ಒಂದೂ ಇರಲಿಲ್ಲ. ಇಷ್ಟಕ್ಕೇ ಯಾರನ್ನೂ ಮೋಸಗಾರ ಅನ್ನಬೇಡಿ. ಮನೆಯ ಇನ್ನೊಬ್ಬರು ತೆಗೆದು ವಾಟ್ಸ್‌ಆ್ಯಪಿನಲ್ಲಿ ಕೊಟ್ಟಿದ್ದರೂ ಹೀಗೇ ಆಗುತ್ತದೆ. ಫೋನಿನ ಗಡಿಯಾರ ತಪ್ಪಿದ್ದರೆ ದಿನವೂ ತಪ್ಪು ಬರುತ್ತದೆ. ಎಲ್ಲಿ ಜಾಸ್ತಿ ನೋಡಬೇಕು ಅನ್ನುವುದಷ್ಟೇ ಇದರಿಂದ ಗೊತ್ತಾಗುತ್ತದೆ.

ಇಲ್ಲೊಂದು ಮಾತು. ಚಿತ್ರ ಹಾಕಿದರೆ ತಿದ್ದಿದ ಜಾಗವನ್ನು ಬಣ್ಣದಲ್ಲಿ ತೋರಿಸುತ್ತೇವೆ ಎನ್ನುವ ವೆಬ್‌ಸೈಟುಗಳಿವೆ. ಒಂದೆರಡು ಸಲ ಕುಗ್ಗಿಸಿ ಕಳಿಸಿದ ಚಿತ್ರದಲ್ಲಿ ಅಕ್ಷರದ ಅಂಚು, ಹೊಳೆಯುವ ಟೇಪು ಎಲ್ಲ ಸುಮ್ನೆ ಬೆಳಗುತ್ತವೆ. ಅದನ್ನು ನಂಬಿ ಪ್ರಾಮಾಣಿಕ ಕ್ಲೇಮ್ ತಳ್ಳಿಹಾಕಿದ್ದನ್ನು ಕಂಡಿದ್ದೇನೆ. ಬಳಸಲೇಬೇಡಿ.

2. ಹಳೆಯ ಕ್ಲೇಮುಗಳ ಜೊತೆ ಹೋಲಿಸಿ

ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಹುಡುಕಿದರೆ ಅಂತರ್ಜಾಲದಿಂದ ಎತ್ತಿದ ಚಿತ್ರ ಸಿಗಬಹುದು. ಹಾಕುವ ಮುಂಚೆ ವಿಳಾಸವಿರುವ ಭಾಗವನ್ನು ಕತ್ತರಿಸಿ ತೆಗೆಯಿರಿ. ಗ್ರಾಹಕರ ಮನೆ ವಿಳಾಸವನ್ನು ಹೊರಗಿನ ಸೈಟಿಗೆ ಕೊಡುವ ಹಕ್ಕು ನಮಗಿಲ್ಲ.

ಆದರೆ ಮರುಬಳಕೆಯ ಫೋಟೊ ಅಲ್ಲೇ ಇರಬೇಕೆಂದಿಲ್ಲ. ನಿಮಗೇ ಹಿಂದೆ ಬಂದ ಕ್ಲೇಮಿನಲ್ಲೂ ಇರಬಹುದು. ಅದನ್ನು ಯಾವ ಹುಡುಕು ಯಂತ್ರವೂ ಕಂಡಿಲ್ಲ. ಹಳೆಯ ಫೋಟೊಗಳನ್ನು ಇಟ್ಟುಕೊಂಡಿದ್ದರೆ ಮಾತ್ರ ಸಿಗುತ್ತದೆ. ಇದಕ್ಕೆ ಪರ್ಸೆಪ್ಚುವಲ್ ಹ್ಯಾಶ್ ಎಂಬ ವಿಧಾನವಿದೆ. ಚಿತ್ರವನ್ನು ತೀರಾ ಚಿಕ್ಕದು ಮಾಡಿ, ಅದರ ಬೆಳಕು-ನೆರಳಿನ ವಿನ್ಯಾಸವನ್ನು 64 ಬಿಟ್‌ಗಳ ಗುರುತಾಗಿ ಬರೆದಿಡುತ್ತದೆ. ಚಿತ್ರ ಕುಗ್ಗಿದರೂ ಬಣ್ಣ ಸ್ವಲ್ಪ ಬದಲಾದರೂ ಗುರುತು ಹೆಚ್ಚು ಬದಲಾಗುವುದಿಲ್ಲ. ಆದರೆ ಎಡ-ಬಲ ತಿರುಗಿಸಿದರೆ ತುಂಬಾ ಬದಲಾಗುತ್ತದೆ. ಹಾಗಾಗಿ ಕನ್ನಡಿ ಬಿಂಬವನ್ನೂ ಹೋಲಿಸಲೇಬೇಕು. ಪೈಥಾನಿನಲ್ಲಿ ಹೀಗೆ:

```
import imagehash
from PIL import Image, ImageOps
a = Image.open("old.jpg")
b = Image.open("new.jpg")
print(imagehash.phash(a) - imagehash.phash(b))
print(imagehash.phash(a) - imagehash.phash(ImageOps.mirror(b)))
```

ಬರುವ ಸಂಖ್ಯೆ ಎಂದರೆ ಎಷ್ಟು ಬಿಟ್ ಬೇರೆ ಎಂದು. 10ಕ್ಕಿಂತ ಕಡಿಮೆ ಬಂದರೆ ನಾನು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಕಣ್ಣಾರೆ ನೋಡುತ್ತೇನೆ. ಸಂಖ್ಯೆಯೊಂದನ್ನೇ ನೋಡಿ ತೀರ್ಮಾನ ಮಾಡಬಾರದು. ಬಿಳಿ ಮೇಜಿನ ಮೇಲಿನ ಕಂದು ಪೆಟ್ಟಿಗೆಗಳೆಲ್ಲ ಸ್ವಲ್ಪ ಒಂದೇ ಥರ ಇರುತ್ತವೆ, ಅಲ್ವಾ? ಅಂಚನ್ನು ಜಾಸ್ತಿ ಕತ್ತರಿಸಿದ ಫೋಟೊ ಈ ಜರಡಿಯಿಂದ ತಪ್ಪಿಸಿಕೊಳ್ಳುತ್ತದೆ ಅನ್ನುವುದೂ ನೆನಪಿರಲಿ.

3. ಪೆಟ್ಟು ಹೊರಗಿನಿಂದ ಒಳಗೆ ಹೋಗಿದೆಯಾ?

ಎಲ್ಲರೂ ಎಡವುವುದು ಇಲ್ಲೇ. ಈ ಹಂತಕ್ಕೆ ಅವಸರ ಮಾಡಬೇಡಿ. ಫೋನಿನಲ್ಲಿ ನೋಡಬೇಡಿ, ದೊಡ್ಡ ಪರದೆ ಬೇಕು.

ಪಾರ್ಸೆಲ್ ಪೆಟ್ಟಿಗೆಯ ರಟ್ಟು ಸಾಮಾನ್ಯವಾಗಿ ಮೂರು ಪದರದ್ದು. ಎರಡು ಸಪಾಟು ಹಾಳೆ, ನಡುವೆ ಅಲೆ ಅಲೆಯಾದ ಕಾಗದ. ಮೂಲೆ ನೆಲಕ್ಕೆ ಬಿದ್ದಾಗ ಆ ಮೂಲೆಯಲ್ಲಿ ಸೇರುವ ಮೂರು ಮುಖಗಳಲ್ಲೂ ಮಡಿಕೆ ಬೀಳುತ್ತದೆ. ಅಲೆಗಳು ಕುಸಿಯುತ್ತವೆ. ಹೊರಗೆ ತಗ್ಗಾದದ್ದು ಒಳಗೆ ಉಬ್ಬಾಗಿ ಕಾಣುತ್ತದೆ. ಕೈಯಿಂದ ಗುದ್ದಿದರೆ ಅಥವಾ ಕಾಲಿನಿಂದ ಒತ್ತಿದರೆ ಸಾಮಾನ್ಯವಾಗಿ ಒಂದು ಮುಖ ಮಾತ್ರ ತಗ್ಗುತ್ತದೆ, ಪಕ್ಕದ ಅಂಚುಗಳು ನೆಟ್ಟಗೇ ಉಳಿಯುತ್ತವೆ. ಹರಿದ ರಟ್ಟಿನ ಅಂಚಿನಲ್ಲಿ ಮೇಲಿನ ಹಾಳೆ ಸುಲಿದು ಜುಂಗು ಜುಂಗಾಗಿರುತ್ತದೆ. ಚಾಕುವಿನಿಂದ ಕೊಯ್ದ ಅಂಚು ಗೆರೆ ಎಳೆದ ಹಾಗೆ. ಕೊಯ್ದ ಗೆರೆ ಕಂಡ ಕೂಡಲೇ ಹೌಹಾರಬೇಡಿ, ತೆರೆಯುವಾಗ ಟೇಪಿನ ಜೊತೆ ರಟ್ಟೂ ಕೊಯ್ದಿರಬಹುದು. ಅದು ಟೇಪಿನ ಸಾಲಿನಲ್ಲಿ ಇಲ್ಲದೆ ಮುಖದ ನಡುವೆ ಇದ್ದರೆ ಯಾಕೆ ಅಂತ ಕೇಳಿ.

ನೀರಿನ ಕಲೆಯದು ಇನ್ನೊಂದು ರೀತಿ. ದಾರಿಯಲ್ಲಿ ನೆನೆದ ಪೆಟ್ಟಿಗೆಯಲ್ಲಿ ಕಲೆಯ ಅಂಚಿನ ಗೆರೆ ಒಂದು ಮುಖದಿಂದ ಪಕ್ಕದ ಮುಖಕ್ಕೆ ಮುರಿಯದೆ ಹೋಗುತ್ತದೆ. ತೆರೆದ ಮೇಲೆ ಸುರಿದರೆ ಒಳಗಿನ ರೆಕ್ಕೆಗಳಲ್ಲಿ ಕಲೆ ಜಾಸ್ತಿ, ಹೊರಗೆ ಕಡಿಮೆ.

ಆಮೇಲೆ ಒಳಗಿನ ತುಂಬುವ ಸಾಮಾನು. ಗಾಜು ದಾರಿಯಲ್ಲಿ ಒಡೆದಿದ್ದರೆ ಉಳಿದ ದಾರಿಯುದ್ದಕ್ಕೂ ಚೂರುಗಳು ಕುಲುಕಾಡಿರುತ್ತವೆ. ಸಣ್ಣ ಚೂರು, ಗಾಜಿನ ಪುಡಿ ಬಬಲ್ ರ‍್ಯಾಪಿನ ಮಡಿಕೆಯಲ್ಲಿ, ಪೆಟ್ಟಿಗೆಯ ತಳದ ಸಂದಿಯಲ್ಲಿ ಸೇರಿಕೊಂಡಿರುತ್ತವೆ. ದೊಡ್ಡ ಚೂರುಗಳು ಮಾತ್ರ ಮೇಲೆ ನೀಟಾಗಿ ಇದ್ದು ಕೆಳಗೆಲ್ಲ ಸ್ವಚ್ಛವಾಗಿದ್ದರೆ ತಳದ ಫೋಟೊ ಕೇಳಲೇಬೇಕು.

ನಮ್ಮ ಲ್ಯಾಂಪಿಗೆ ಬರೋಣ. ಒಂದನೇ ಫೋಟೊದಲ್ಲಿ ಲೇಬಲಿನ ಬಲಕ್ಕಿರುವ ಮೂಲೆ ಮೂರೂ ಮುಖಗಳಲ್ಲಿ ಜಜ್ಜಿತ್ತು. ಅದು ನಿಜವಾದ ಪೆಟ್ಟೇ. ಎರಡನೇ ಫೋಟೊದಲ್ಲಿ ತೆರೆದ ಪೆಟ್ಟಿಗೆಯ ನಾಲ್ಕೂ ಮೇಲ್ಮೂಲೆ ಕಾಣುತ್ತಿದ್ದವು. ಒಂದರಲ್ಲೂ ಉಬ್ಬಿಲ್ಲ. ಒಂದನೆಯದರಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟೇಪ್, ಎರಡನೆಯದರ ರೆಕ್ಕೆಗೆ ಅಂಟಿದ್ದು ಕಂದು ಕಾಗದದ ಟೇಪ್. ಕೊನೆಗೆ ಲ್ಯಾಂಪನ್ನೇ ನೋಡಿದೆ. ತಿರುಗಿಸುವ ಗುಂಡಿ ಬುಡದ ಎಡಕ್ಕಿತ್ತು. ಆ ಮಾಡೆಲಿನಲ್ಲಿ ಗುಂಡಿ ಇರುವುದು ಬಲಕ್ಕೆ. ಫೋಟೊದಲ್ಲಿ ಒಂದೇ ಒಂದು ಅಕ್ಷರ ಇರಲಿಲ್ಲ. ಅದಕ್ಕೇ ಚಿತ್ರವನ್ನು ಎಡ-ಬಲ ತಿರುಗಿಸಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕನ್ನಡಿ ಬಿಂಬವನ್ನು ಹಳೆಯ ಕ್ಲೇಮುಗಳ ಜೊತೆ ಹೋಲಿಸಿದಾಗ ಬಂದ ಅಂತರ 4. ಬೇರೆ ಖಾತೆಯಿಂದ ಹಿಂದೆ ಬಂದಿದ್ದ, ಹಣವನ್ನೂ ಕೊಟ್ಟಿದ್ದ ಕ್ಲೇಮಿನ ಫೋಟೊ ಅದು.

ಅಂದರೆ ಪೆಟ್ಟಿಗೆ ಜಜ್ಜಿದ್ದು ನಿಜ, ಒಡೆದ ಲ್ಯಾಂಪಿನ ಫೋಟೊ ಎರವಲು. ಒಂದೊಂದೇ ಫೋಟೊ ನೋಡಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ.

4. ಲೇಬಲ್ ಓದಿ, ಬಾರ್‌ಕೋಡ್ ಸ್ಕ್ಯಾನ್ ಮಾಡಿ

ನಂಬರ್ ತಿದ್ದುವವರು ಅಂಕಿಗಳನ್ನು ತಿದ್ದಿ ಬಾರ್‌ಕೋಡನ್ನು ಹಾಗೇ ಬಿಟ್ಟಿರುತ್ತಾರೆ. ಪರದೆಯ ಮೇಲಿನ ಫೋಟೊಗೆ ಫೋನಿನ ಸ್ಕ್ಯಾನರ್ ಹಿಡಿಯಿರಿ. ಓದಿದ ನಂಬರ್ ಮತ್ತು ಕೆಳಗೆ ಅಚ್ಚಾದ ನಂಬರ್ ಒಂದೇ ಇರಬೇಕು.

ಅಂತರರಾಷ್ಟ್ರೀಯ ಅಂಚೆಯ 13 ಅಕ್ಷರದ ನಂಬರ್ ಆದರೆ ಲೆಕ್ಕದಿಂದಲೂ ಹಿಡಿಯಬಹುದು. ಎರಡು ಅಕ್ಷರ, ಎಂಟು ಅಂಕಿ, ಒಂದು ತಾಳೆ ಅಂಕಿ, ಮತ್ತೆ ಎರಡು ಅಕ್ಷರ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ. 12345678 ಆದರೆ ಮೊತ್ತ 204. ಅದನ್ನು 11ರಿಂದ ಭಾಗಿಸಿದರೆ ಉಳಿಯುವುದು 6. 11ರಲ್ಲಿ 6 ಕಳೆದರೆ 5. ಅದೇ ತಾಳೆ ಅಂಕಿ. ಕಳೆದಾಗ 10 ಬಂದರೆ 0, 11 ಬಂದರೆ 5 ಎಂದು ತೆಗೆದುಕೊಳ್ಳಬೇಕು. ಒಂದು ಅಂಕಿ ತಿದ್ದಿದರೂ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ.

ಲೇಬಲಿನ ಮೇಲಿನ ತೂಕ ಆ ಸಾಮಾನಿಗೆ ಹೊಂದುತ್ತದೆಯಾ ನೋಡಿ. ನೀವು ಬಳಸುವುದು ಡೈರೆಕ್ಟ್ ಥರ್ಮಲ್ ಲೇಬಲ್ ಆದರೆ ಅದರಲ್ಲಿ ಶಾಯಿಯೇ ಇಲ್ಲ, ಶಾಖದಿಂದ ಕಪ್ಪಾಗುವ ಕಾಗದ ಅದು. ನೀರು ಬಿದ್ದು ಅದರ ಅಕ್ಷರ ಹರಡಿದಂತೆ ಕಂಡರೆ ಲೇಬಲ್ ನಿಮ್ಮದೇನಾ ಅಂತ ವಿಚಾರಿಸಿ.

ಒಂದೇ ಪೆಟ್ಟಿಗೆಯ ಮೇಲೆ ಎರಡು ಲೇಬಲ್ ಕಂಡ ಮಾತ್ರಕ್ಕೆ ಮೋಸ ಅಲ್ಲ. ಹೀಗೊಂದು ಕ್ಲೇಮನ್ನು ನಮ್ಮಲ್ಲಿ ಒಬ್ಬರು ತಿರಸ್ಕರಿಸಿದ್ದರು. ಕೇಳಿ ನೋಡಿದರೆ ಹಳೆಯ ಪೆಟ್ಟಿಗೆಯನ್ನು ಮತ್ತೆ ಬಳಸಿದ್ದು ಕಳಿಸಿದವರೇ. ಗ್ರಾಹಕರಿಗೆ ಅದರ ಸುಳಿವೇ ಇರಲಿಲ್ಲ. ಪ್ಯಾಕ್ ಮಾಡಿದವರನ್ನು ಕೇಳದೆ ಲೇಬಲಿನ ವಿಷಯ ತೀರ್ಮಾನಿಸಬೇಡಿ.

5. ಇನ್ನೊಂದು ಫೋಟೊ ಕೇಳಿ

ಆರೋಪ ಮಾಡಬೇಡಿ, ಫೋಟೊ ಕೇಳಿ. ಒಂದು ಚೀಟಿಯಲ್ಲಿ ಕ್ಲೇಮ್ ನಂಬರ್ ಕೈಯಲ್ಲಿ ಬರೆದು, ಒಡೆದ ಸಾಮಾನು, ಜಜ್ಜಿದ ಮೂಲೆ, ಲೇಬಲ್ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆದು ಕಳಿಸಿ ಅನ್ನಿ. ಪೆಟ್ಟಿಗೆಯ ಆರೂ ಮುಖದ ಫೋಟೊ ಬೇಕು. ಎರಡು ದಿನ ಸಮಯ ಕೊಡಿ. ಪೆಟ್ಟಿಗೆ ಎಸೆದಿದ್ದೇವೆ ಎಂದರೆ ಅದೂ ಸಹಜವೇ. ಆಗ ಸಾಮಾನಿನ ಜೊತೆ ಚೀಟಿಯಿಟ್ಟ ಫೋಟೊ ಸಾಕು, ಪಾರ್ಸೆಲ್ ತಲುಪಿಸಿದವರು ಬಾಗಿಲಲ್ಲಿ ತೆಗೆದ ಫೋಟೊ ಇದ್ದರೆ ತರಿಸಿಕೊಳ್ಳಿ.

ಲ್ಯಾಂಪಿನವರಿಗೂ ಇದೇ ಪತ್ರ ಹೋಯಿತು. ಮಾರನೆಯ ದಿನ ಚೀಟಿಯ ಜೊತೆ ಫೋಟೊ ಬಂತು. ಅದೇ ಜಜ್ಜಿದ ಮೂಲೆ, ಅದೇ ಲೇಬಲ್, ಪಕ್ಕದಲ್ಲಿ ಲ್ಯಾಂಪ್. ಗುಂಡಿ ಬಲಕ್ಕಿತ್ತು. ಗಾಜು ಇಡಿಯಾಗಿತ್ತು, ಅದರ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಇಷ್ಟು ಸಣ್ಣದಕ್ಕೆ ಹಣ ಕೊಡಲಾರರು ಅಂತ ಬೇರೆ ಫೋಟೊ ಹಾಕಿದೆ ಎಂದು ಬರೆದಿದ್ದರು. ಹಣ ವಾಪಸ್ ಕೊಡಲಿಲ್ಲ, ಶೇಡ್ ಒಂದನ್ನು ಬದಲಾಯಿಸಿ ಕಳಿಸಿದೆವು. ಹಳೆಯ ಕ್ಲೇಮಿನ ಫೋಟೊ ಅವರ ಕೈಗೆ ಹೇಗೆ ಬಂತು ಅನ್ನುವುದನ್ನು ಬೇರೆ ಕಡತವಾಗಿ ತೆರೆದು, ಎರಡೂ ಖಾತೆಯ ಕ್ಲೇಮುಗಳನ್ನು ಅದಕ್ಕೆ ಲಗತ್ತಿಸಿದೆವು.