ಜೆಲ್ ಚಿತ್ರದ ಬ್ಯಾಂಡ್ ಎಷ್ಟು ಉದ್ದ? ಲ್ಯಾಡರ್ ಹಿಡಿದು ಲೆಕ್ಕ ಹಾಕುವ ಬಗೆ

ಹಾಸನ, ಚಿಕ್ಕಮಗಳೂರಿನ ಕಡೆ ಬಯೋಟೆಕ್ನಾಲಜಿ ಓದುವ ಎಷ್ಟೋ ಮಕ್ಕಳಿಗೆ, ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಓಡಿಸಿದ ಮೇಲೆ ಕೈಗೆ ಸಿಗುವುದು ಅದರ ಚಿತ್ರ ಮಾತ್ರ. ಜೆಲ್ ಡಾಕ್ ಪರದೆಯ ಸ್ಕ್ರೀನ್‌ಶಾಟ್ ಮೊಬೈಲಿಗೆ ಬರುತ್ತದೆ. ಅದನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ, ಪ್ರತಿ ಬ್ಯಾಂಡಿನ ಪಕ್ಕ ಎಷ್ಟು ಬೇಸ್ ಪೇರ್ ಎಂದು ಬರೆಯಬೇಕು. ಹೆಚ್ಚಿನವರು ಪಕ್ಕದಲ್ಲಿ ಓಡಿಸಿದ, ಉದ್ದ ಮೊದಲೇ ಗೊತ್ತಿರುವ ತುಂಡುಗಳ ಲ್ಯಾಡರ್ ಕಡೆ ಕಣ್ಣು ಹಾಯಿಸಿ 'ಇದು ಐದು ಸಾವಿರದ ಹತ್ತಿರ' ಎಂದು ಬರೆದು ಮುಗಿಸುತ್ತಾರೆ. ಅದೇ ಚಿತ್ರದಿಂದ ಹೆಚ್ಚಿನ ಬ್ಯಾಂಡುಗಳಿಗೆ ಶೇಕಡಾ ಒಂದೆರಡರಷ್ಟೇ ತಪ್ಪಿರುವ ಉತ್ತರ ತೆಗೆಯಬಹುದು. ಬೇಕಾಗುವುದು ಪಿಕ್ಸೆಲ್ ಅಳೆಯುವ ಒಂದು ತಂತ್ರಾಂಶ, ಒಂದು ಎಕ್ಸೆಲ್ ಹಾಳೆ, ಅರ್ಧ ಗಂಟೆಯ ತಾಳ್ಮೆ.

ಉದಾಹರಣೆಗೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮಾಡಿಸುವ ಪ್ರಯೋಗವನ್ನೇ ತೆಗೆದುಕೊಳ್ಳೋಣ. ಶೇಕಡಾ 0.8ರ ಅಗರೋಸ್ ಜೆಲ್. ಮೊದಲ ಲೇನ್‌ನಲ್ಲಿ ಹಿಂಡ್ ತ್ರೀ ಕಿಣ್ವದಿಂದ ಕತ್ತರಿಸಿದ ಲ್ಯಾಂಬ್ಡಾ ವೈರಸ್‌ನ ಡಿಎನ್‌ಎ, ಇದೇ ನಮ್ಮ ಲ್ಯಾಡರ್, ಅಂದರೆ ಮಾರ್ಕರ್. ಎರಡನೆಯದರಲ್ಲಿ ಇಕೋಆರ್ ಒನ್‌ನಿಂದ ಕತ್ತರಿಸಿದ ಅದೇ ಲ್ಯಾಂಬ್ಡಾ. ಈ ಎರಡನೇ ಲೇನ್‌ನ ತುಂಡುಗಳ ಉದ್ದ ನಮಗೆ ಗೊತ್ತಿಲ್ಲ ಎಂದಿಟ್ಟುಕೊಳ್ಳೋಣ. ಇಡೀ ಲ್ಯಾಂಬ್ಡಾ 48,502 ಬೇಸ್ ಪೇರ್ ಎಂಬುದು ಮಾತ್ರ ಗೊತ್ತು.

ಚಿತ್ರವನ್ನು ಮೊದಲು ಸರಿಮಾಡಿಕೊಳ್ಳಿ

ಸಾಧ್ಯವಾದರೆ ಮೂಲ ಫೈಲನ್ನೇ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗಿ, ಹತ್ತಿರವಿರುವ ಎರಡು ಬ್ಯಾಂಡುಗಳ ನಡುವಿನ ತೆಳು ಕಪ್ಪುಗೆರೆ ಮಾಯವಾಗಬಹುದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೆಯೇ ಬರುತ್ತದೆ. ಚಿತ್ರ ಹಿಗ್ಗಿದ್ದರೂ ಕುಗ್ಗಿದ್ದರೂ ನಮ್ಮ ಲೆಕ್ಕಕ್ಕೆ ತೊಂದರೆ ಇಲ್ಲ, ಏಕೆಂದರೆ ನಾವು ಬಳಸುವುದು ಅಂತರಗಳ ಅನುಪಾತ. ಆದರೆ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದು ತೆಗೆದ ಫೋಟೊ ಬೇಡ. ಅದರಲ್ಲಿ ಮೇಲಿನ ಒಂದು ಸೆಂಟಿಮೀಟರ್ ಕೆಳಗಿನ ಒಂದು ಸೆಂಟಿಮೀಟರಿಗೆ ಸಮನಾಗಿರುವುದಿಲ್ಲ.

ವೆಲ್‌ಗಳ ಸಾಲು ಚಿತ್ರದಲ್ಲಿ ಇರಲೇಬೇಕು, ಕ್ರಾಪ್ ಮಾಡಬೇಡಿ. ಆ ಸಾಲು ಅಡ್ಡಕ್ಕೆ ನೇರವಾಗಿದೆಯೇ ನೋಡಿ, ವಾಲಿದ್ದರೆ ಚಿತ್ರವನ್ನು ತಿರುಗಿಸಿ ನೇರಮಾಡಿ. ಇನ್ನೊಂದು ತೊಂದರೆಯನ್ನು ತಿರುಗಿಸಿ ಸರಿಪಡಿಸಲು ಬರುವುದಿಲ್ಲ: ವೋಲ್ಟೇಜ್ ಹೆಚ್ಚಾಗಿ ಜೆಲ್ ಬಿಸಿಯಾಗಿದ್ದರೆ ನಡುವಿನ ಲೇನ್‌ಗಳು ಮುಂದೆ ಓಡಿ, ಅಂಚಿನವು ಹಿಂದೆ ಉಳಿದು, ಬ್ಯಾಂಡುಗಳ ಸಾಲು ಬಾಗಿರುತ್ತದೆ. ಅಂಥ ಜೆಲ್‌ನಲ್ಲಿ ಅಂಚಿನ ಲ್ಯಾಡರ್ ಇಟ್ಟುಕೊಂಡು ನಡುವಿನ ಲೇನ್ ಅಳೆಯಬೇಡಿ, ಪಕ್ಕದಲ್ಲೇ ಲ್ಯಾಡರ್ ಇರುವ ಲೇನ್ ಮಾತ್ರ ಅಳೆಯಿರಿ.

ಲ್ಯಾಡರ್ ಗುರುತಿಸುವುದು

ಹಿಂಡ್ ತ್ರೀ ಮಾರ್ಕರಿನಲ್ಲಿ ಎಂಟು ತುಂಡುಗಳಿವೆ: 23130, 9416, 6557, 4361, 2322, 2027, 564, 125. ಚಿತ್ರದಲ್ಲಿ ಎಂಟೂ ಕಾಣುತ್ತವೆ ಎಂದು ನಂಬಿ ಕೆಳಗಿನಿಂದ ಎಣಿಸಿದರೆ ಇಡೀ ಲೆಕ್ಕ ತಪ್ಪುತ್ತದೆ. ಬ್ಯಾಂಡಿನ ಹೊಳಪು ಅದರಲ್ಲಿರುವ ಡಿಎನ್‌ಎಯ ತೂಕವನ್ನು ಅನುಸರಿಸುತ್ತದೆ. 500 ನ್ಯಾನೊಗ್ರಾಂ ಮಾರ್ಕರ್ ಹಾಕಿದರೆ 564ರ ಪಾಲಿಗೆ ಬರುವುದು ಆರು ನ್ಯಾನೊಗ್ರಾಂಗೂ ಕಡಿಮೆ, 125ರ ಪಾಲಿಗೆ ಒಂದು ಚಿಲ್ಲರೆ. 564 ಮಂಕಾಗಿ ಕಂಡರೆ ಹೆಚ್ಚು, 125 ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆದ್ದರಿಂದ ಮೊದಲು ಜೋಡಿಯಾಗಿ ಕೂತಿರುವ ಎರಡು ಬ್ಯಾಂಡ್ ಹುಡುಕಿ. ಅವೇ 2322 ಮತ್ತು 2027. ಅಲ್ಲಿಂದ ಮೇಲಕ್ಕೆ ಎಣಿಸುತ್ತ ಹೋಗಿ.

4361 ಮಂಕಾಗಿದ್ದರೆ ಗಾಬರಿ ಬೇಡ. ಲ್ಯಾಂಬ್ಡಾದ ಎರಡು ತುದಿಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣದವು. ಆ ತುದಿಗಳಿರುವ 23130 ಮತ್ತು 4361 ಕೂಡಿಕೊಂಡು ಮೇಲೆಯೇ ನಿಂತಿರುತ್ತವೆ. ಮಾರ್ಕರನ್ನು ವೆಲ್‌ಗೆ ಹಾಕುವ ಮೊದಲು 65 ಡಿಗ್ರಿಯಲ್ಲಿ ಐದು ನಿಮಿಷ ಬಿಸಿಮಾಡಿ ತಕ್ಷಣ ಐಸ್ ಮೇಲಿಟ್ಟರೆ ಬಿಡಿಸಿಕೊಳ್ಳುತ್ತವೆ.

ಅಳೆಯುವುದು

ಚಿತ್ರವನ್ನು ImageJ ತಂತ್ರಾಂಶದಲ್ಲಿ ತೆರೆಯಿರಿ. ಲೇನ್‌ನ ನಡುವೆ ವೆಲ್‌ನಿಂದ ಕೆಳಗಿನವರೆಗೆ ನೇರ ಗೆರೆ ಎಳೆದು `Analyze > Plot Profile` ಒತ್ತಿದರೆ ಪ್ರತಿ ಬ್ಯಾಂಡೂ ಒಂದು ಶಿಖರವಾಗಿ ಕಾಣುತ್ತದೆ. ಶಿಖರದ ತುದಿ ಎಷ್ಟನೇ ಪಿಕ್ಸೆಲ್‌ನಲ್ಲಿದೆ ಎಂದು ಬರೆದುಕೊಳ್ಳಿ. ಎಲ್ಲ ಲೇನ್‌ನಲ್ಲೂ ಗೆರೆ ವೆಲ್‌ನ ಒಂದೇ ಅಂಚಿನಿಂದ ಶುರುವಾಗಲಿ. ImageJ ಇಲ್ಲದಿದ್ದರೆ ಪೇಂಟ್ ಸಾಕು, ಕರ್ಸರ್ ಇಟ್ಟಲ್ಲಿನ ಪಿಕ್ಸೆಲ್ ಸಂಖ್ಯೆ ಕೆಳಗೆ ತೋರಿಸುತ್ತದೆ. ಬ್ಯಾಂಡಿನ ಮಧ್ಯ ಹಿಡಿಯಲು ನಿರ್ಧರಿಸಿದರೆ ಎಲ್ಲದಕ್ಕೂ ಮಧ್ಯವನ್ನೇ ಹಿಡಿಯಿರಿ.

ನಮ್ಮ ಉದಾಹರಣೆಯಲ್ಲಿ ಮಾರ್ಕರಿನ ಅಳತೆ ಹೀಗಿದೆ ಎನ್ನೋಣ:

| ಬೇಸ್ ಪೇರ್ | ವೆಲ್‌ನಿಂದ ಪಿಕ್ಸೆಲ್ |
|---|---|
| 23130 | 178 |
| 9416 | 258 |
| 6557 | 309 |
| 4361 | 382 |
| 2322 | 525 |
| 2027 | 559 |

ಎರಡನೇ ಲೇನ್‌ನಲ್ಲಿ ಐದು ಬ್ಯಾಂಡ್: 183, 290, 331, 360 ಮತ್ತು 426ರಲ್ಲಿ.

ಒಂದೇ ಗೆರೆ ಏಕೆ ಸಾಲದು

ಡಿಎನ್‌ಎ ಓಡುವ ದೂರ ಅದರ ಉದ್ದದ ಲಾಗರಿದಮ್‌ಗೆ ಸರಿಹೊಂದುತ್ತದೆ, ಗ್ರಾಫ್ ನೇರ ಗೆರೆಯಾಗುತ್ತದೆ ಎಂದು ಪಠ್ಯದಲ್ಲಿರುತ್ತದೆ. ಚಿಕ್ಕ ತುಂಡುಗಳ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ದೊಡ್ಡ ತುಂಡುಗಳು ಜೆಲ್‌ನ ರಂಧ್ರಗಳಲ್ಲಿ ಹಾವಿನ ಹಾಗೆ ತಲೆ ತೂರಿಸಿ ಉದ್ದಕ್ಕೆ ಮಲಗಿ ಸಾಗುತ್ತವೆ. ಆಗ ಇಪ್ಪತ್ತು ಸಾವಿರದ್ದಕ್ಕೂ ಮೂವತ್ತು ಸಾವಿರದ್ದಕ್ಕೂ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯುವುದಿಲ್ಲ. ಹಾಗಾಗಿ ಗ್ರಾಫ್ ಮೇಲ್ತುದಿಯಲ್ಲಿ ಕಡಿದಾಗಿ ಬಾಗುತ್ತದೆ.

ಇದನ್ನು ಕಡೆಗಣಿಸಿ 23130ರಿಂದ 2027ಕ್ಕೆ ಒಂದೇ ಗೆರೆ ಎಳೆದು 360ನೇ ಪಿಕ್ಸೆಲ್‌ನ ಬ್ಯಾಂಡ್ ಓದಿದರೆ ಸುಮಾರು 7230 ಬರುತ್ತದೆ. ಆದರೆ ಆ ಬ್ಯಾಂಡ್ ಕೂತಿರುವುದು 6557 ಮತ್ತು 4361ರ ನಡುವೆ. ಅದು ಏಳು ಸಾವಿರ ಆಗಲು ಸಾಧ್ಯವೇ ಇಲ್ಲ. ಗ್ರಾಫ್ ಅಂದವಾಗಿದ್ದರೆ ಇಂಥ ತಪ್ಪು ಕಣ್ಣಿಗೆ ಬೀಳದೆ ರೆಕಾರ್ಡಿಗೆ ಹೋಗಿಬಿಡುತ್ತದೆ. ಉತ್ತರ ಬಂದ ಮೇಲೆ ಮೇಲಿನ, ಕೆಳಗಿನ ಲ್ಯಾಡರ್ ಬ್ಯಾಂಡಿನ ನಡುವೆಯೇ ಅದು ಇದೆಯೇ ಎಂದು ಪ್ರತಿ ಬಾರಿಯೂ ನೋಡಿ.

ಸರಿಯಾದ ದಾರಿ ಎಂದರೆ ಅಪರಿಚಿತ ಬ್ಯಾಂಡಿನ ಮೇಲೊಂದು ಕೆಳಗೊಂದು ಲ್ಯಾಡರ್ ಬ್ಯಾಂಡ್ ಹಿಡಿದು, ಆ ಎರಡರ ನಡುವೆ ಮಾತ್ರ ಗೆರೆ ಎಳೆಯುವುದು. ಎಕ್ಸೆಲ್‌ನಲ್ಲಿ A ಸಾಲಿನಲ್ಲಿ ಪಿಕ್ಸೆಲ್, B ಸಾಲಿನಲ್ಲಿ ಬೇಸ್ ಪೇರ್ ಹಾಕಿ. 2ನೇ ಅಡ್ಡಸಾಲು ಮೇಲಿನ ಬ್ಯಾಂಡಿಗೆ, 3ನೆಯದು ಕೆಳಗಿನದಕ್ಕೆ. ಅಪರಿಚಿತ ಬ್ಯಾಂಡಿನ ಪಿಕ್ಸೆಲ್ D2ರಲ್ಲಿ.

```
=10^(LOG10(B2)-(D2-A2)/(A3-A2)*(LOG10(B2)-LOG10(B3)))
```

360ರ ಬ್ಯಾಂಡಿಗೆ A2=309, B2=6557, A3=382, B3=4361, D2=360 ಹಾಕಿದರೆ 4930 ಬರುತ್ತದೆ. ಕೊನೆಯ ಅಂಕಿಯನ್ನೂ ಬರೆದು ನಿಖರತೆ ತೋರಿಸಬೇಕಾಗಿಲ್ಲ, ಮೂರು ಅಂಕಿಗೆ ದುಂಡಾಗಿಸಿ. ಉಳಿದವನ್ನೂ ಹೀಗೆ ಮಾಡಿದರೆ 183ರದ್ದು 21,900, 290ರದ್ದು 7500, 331ರದ್ದು 5800, 426ರದ್ದು 3590.

ಇವೆಲ್ಲಕ್ಕೂ ಒಂದೇ ಬೆಲೆ ಇಲ್ಲ. 426ರ ಬಳಿ ಒಂದು ಪಿಕ್ಸೆಲ್ ಆಚೀಚೆ ಆದರೆ ಉತ್ತರ 16 ಬೇಸ್ ಪೇರ್ ಬದಲಾಗುತ್ತದೆ. 183ರ ಬಳಿ ಅದೇ ಒಂದು ಪಿಕ್ಸೆಲ್‌ಗೆ ಸುಮಾರು 250. ಮೇಲಿನ ಬ್ಯಾಂಡನ್ನು 'ಸುಮಾರು 22 ಸಾವಿರ' ಎಂದು ಬರೆಯುವುದೇ ಪ್ರಾಮಾಣಿಕ.

ಕೂಡಿ ನೋಡಿ

ಐದೂ ತುಂಡು ಕೂಡಿದರೆ 43,720. ಇರಬೇಕಾದದ್ದು 48,502. ಸುಮಾರು 4780 ಕಡಿಮೆ. ಅಂದರೆ ಯಾವುದೋ ಒಂದು ಬ್ಯಾಂಡಿನಲ್ಲಿ ಎರಡು ತುಂಡು ಒಟ್ಟಿಗಿವೆ. ಯಾವುದರಲ್ಲಿ?

ಅಂಕಿ ಮಾತ್ರ ನೋಡಿದರೆ 4930ರ ಬ್ಯಾಂಡ್ ಎನ್ನಿಸುತ್ತದೆ. ಅದನ್ನು ಎರಡು ಸಲ ಕೂಡಿದರೆ 48,650, ಬಹುತೇಕ ಸರಿ. 5800ನ್ನು ಎರಡು ಸಲ ಕೂಡಿದರೆ 49,520, ಸಾವಿರ ಹೆಚ್ಚು. ಇಲ್ಲಿ ಅವಸರಪಟ್ಟರೆ ತಪ್ಪು ಬ್ಯಾಂಡ್ ಹಿಡಿಯುತ್ತೇವೆ.

ಹೊಳಪು ನೋಡಿ. ಒಂದೇ ಡಿಎನ್‌ಎ ಪೂರ್ತಿಯಾಗಿ ಕತ್ತರಿಸಿದಾಗ ಪ್ರತಿ ತುಂಡಿನ ಎಣಿಕೆಯೂ ಸಮ, ಆದ್ದರಿಂದ ಕೆಳಗೆ ಹೋದಂತೆ ಹೊಳಪು ಕಡಿಮೆಯಾಗುತ್ತ ಹೋಗಬೇಕು. 4930ರ ಬ್ಯಾಂಡ್ 7500ರದ್ದರ ಮೂರರಲ್ಲಿ ಎರಡು ಪಾಲು ಹೊಳೆಯುತ್ತಿದ್ದರೆ ಅದು ಒಂಟಿ ತುಂಡು. 5800ರದ್ದು ತನಗಿಂತ ಮೇಲಿನ 7500ಕ್ಕಿಂತ ಒಂದೂವರೆ ಪಟ್ಟು ಹೊಳೆಯುತ್ತ, ಕೊಂಚ ದಪ್ಪವೂ ಆಗಿದ್ದರೆ ಅಲ್ಲಿ ಎರಡಿವೆ. ImageJ ಶಿಖರಗಳ ವಿಸ್ತೀರ್ಣ ಇದನ್ನೇ ಹೇಳುತ್ತದೆ. ಆದರೆ ಬ್ಯಾಂಡ್ ಅಚ್ಚಬಿಳಿಯಾಗಿ ಶಿಖರದ ತುದಿ ಚಪ್ಪಟೆಯಾಗಿದ್ದರೆ ಕ್ಯಾಮೆರಾ ಮಿತಿ ಮೀರಿದೆ ಎಂದರ್ಥ. ಆಗ ಹೊಳಪಿನ ಹೋಲಿಕೆ ನಡೆಯುವುದಿಲ್ಲ, ಕಡಿಮೆ ಎಕ್ಸ್‌ಪೋಶರಿನ ಚಿತ್ರ ಕೇಳಿ.

ಸಾವಿರ ಹೆಚ್ಚು ಬಂದದ್ದಕ್ಕೂ ಕಾರಣವಿದೆ. ನಿಜವಾದ ರೇಖೆ ಒಳಕ್ಕೆ ಬಾಗಿದೆ, ನಾವು ಎರಡು ಬಿಂದುಗಳ ನಡುವೆ ಎಳೆದ ನೇರ ಗೆರೆ ಅದರ ಮೇಲೆ ಹಾದುಹೋಗುತ್ತದೆ. ಅದಕ್ಕೇ ನಮ್ಮ ಪ್ರತಿ ಉತ್ತರವೂ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ, ಲ್ಯಾಡರ್ ಬ್ಯಾಂಡುಗಳು ದೂರವಿದ್ದಷ್ಟೂ ಇನ್ನೂ ಹೆಚ್ಚು. ಆದ್ದರಿಂದ ಮೊತ್ತ 48,502ಕ್ಕಿಂತ ಶೇಕಡಾ ಎರಡರಷ್ಟು ಮೇಲಿರುವುದು ಈ ವಿಧಾನದಿಂದ ನಿರೀಕ್ಷಿಸಬೇಕಾದದ್ದೇ, ಹೆಚ್ಚುಕಡಿಮೆ ಸರಿಯಾಗಿ ಕೂಡಿಬಂದದ್ದೇ ಅನುಮಾನಕ್ಕೆ ಎಡೆ. ಈ ಬಾಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರೆ 1979ರಲ್ಲಿ ಎಡ್ವಿನ್ ಸದರ್ನ್ ಪ್ರಕಟಿಸಿದ ವಿಧಾನವಿದೆ. ಅದರಲ್ಲಿ ಉದ್ದಕ್ಕೂ ದೂರಕ್ಕೂ ವಿಲೋಮ ಸಂಬಂಧ ಹಿಡಿದು, ಮೂರು ಲ್ಯಾಡರ್ ಬಿಂದುಗಳಿಂದ ವಕ್ರರೇಖೆ ಎಳೆಯುತ್ತಾರೆ.

ಲ್ಯಾಂಬ್ಡಾದ ಅನುಕ್ರಮ ಪೂರ್ತಿ ಗೊತ್ತಿರುವುದರಿಂದ ಇಲ್ಲಿ ಉತ್ತರ ತಾಳೆ ನೋಡಬಹುದು. ಇಕೋಆರ್ ಒನ್ ಕೊಡುವುದು ಆರು ತುಂಡು: 21226, 7421, 5804, 5643, 4878, 3530. ನಾವು 5800 ಎಂದು ಓದಿದ್ದು 5804 ಮತ್ತು 5643 ಒಂದಾಗಿ ಕಂಡದ್ದು. ಅವುಗಳ ಅಂತರ ಈ ಚಿತ್ರದಲ್ಲಿ ಐದೇ ಪಿಕ್ಸೆಲ್. ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಹೊತ್ತು ಓಡಿಸಿದರೆ ಬೇರೆಯಾಗಿ ಕಾಣಬಹುದು.

ಈ ಲೆಕ್ಕ ಎಲ್ಲಿ ನಡೆಯದು ಎಂಬುದೂ ತಿಳಿದಿರಲಿ. ಕತ್ತರಿಸದ ಪ್ಲಾಸ್ಮಿಡ್ ಸುರುಳಿ ಸುತ್ತಿಕೊಂಡು ತನ್ನ ಉದ್ದಕ್ಕೆ ತಕ್ಕದ್ದಕ್ಕಿಂತ ವೇಗವಾಗಿ ಓಡುತ್ತದೆ. ಲ್ಯಾಡರ್ ಪೂರ್ತಿ ನೇರ ತುಂಡುಗಳದ್ದು, ಎರಡನ್ನೂ ಹೋಲಿಸಲಾಗದು. ಕೊನೆಯ ಲ್ಯಾಡರ್ ಬ್ಯಾಂಡಿನ ಆಚೆಗೆ ಬಿದ್ದ ಬ್ಯಾಂಡಿಗೆ 'ಇಷ್ಟಕ್ಕಿಂತ ಹೆಚ್ಚು' ಅಥವಾ 'ಕಡಿಮೆ' ಎಂದಷ್ಟೇ ಬರೆಯಿರಿ. ನಮ್ಮ ಕಡೆಯ ಕಾಫಿ ಎಲೆಯ ಇಡೀ ಡಿಎನ್‌ಎಯನ್ನು ಇಕೋಆರ್ ಒನ್‌ನಿಂದ ಕತ್ತರಿಸಿದರಂತೂ ಲಕ್ಷಗಟ್ಟಲೆ ತುಂಡುಗಳಾಗಿ ಲೇನ್ ಉದ್ದಕ್ಕೂ ಮಂಜಿನಂಥ ಸ್ಮಿಯರ್ ಕಾಣುತ್ತದೆ. ಅದರಲ್ಲಿ ಅಳೆಯಲು ಬ್ಯಾಂಡೇ ಇರುವುದಿಲ್ಲ. ಕಾಫಿಯಿಂದ ಉದ್ದ ಓದಬೇಕೆಂದರೆ ಪಿಸಿಆರ್ ಮಾಡಿ ಬೇಕಾದ ತುಣುಕನ್ನಷ್ಟೇ ಹೆಚ್ಚಿಸಿಕೊಂಡು, ಪಕ್ಕದಲ್ಲಿ 100 ಬೇಸ್ ಪೇರ್ ಲ್ಯಾಡರ್ ಹಾಕಿ ಇದೇ ಸೂತ್ರ ಬಳಸಬೇಕು.