ಕೊಳೆರೋಗ ‘ಕೊಲೆ ರೋಗ’ ಆಗದಿರಲಿ: ಕರೆಯ ಸಾರಾಂಶ ಬರೆಯುವ ಮುಂಚೆ ಪಠ್ಯ ತಿದ್ದುವುದು ಹೇಗೆ?

ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆ ಬೆಳೆಗಾರರ ಗುಂಪುಗಳಲ್ಲಿ ಔಷಧಿ ಹೊಡೆಯುವ ಮಾತು ಶುರುವಾಗುತ್ತದೆ. ಈಗ ಇಂಥ ಮಾತುಕತೆ ಎಷ್ಟೋ ಕಡೆ ಫೋನಿನಲ್ಲೇ ಮುಗಿಯುತ್ತದೆ. ತಜ್ಞರೊಬ್ಬರು ಹೇಳುತ್ತಾರೆ, ಹತ್ತಿಪ್ಪತ್ತು ಜನ ಕೇಳುತ್ತಾರೆ, ಯಾರೋ ಒಬ್ಬರು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಮೇಲೆ ಆ ರೆಕಾರ್ಡಿಂಗನ್ನು ಮಾತಿನಿಂದ ಬರಹಕ್ಕೆ ಇಳಿಸುವ ಸಾಫ್ಟ್‌ವೇರ್‌ಗೆ ಕೊಟ್ಟು, ಬಂದ ಪಠ್ಯದಿಂದ ಒಂದು ಪುಟದ ಸಾರಾಂಶ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ.

ತೊಂದರೆ ಆಗುವುದು ನಡುವಿನ ಹಂತದಲ್ಲಿ. ಸಾಫ್ಟ್‌ವೇರ್ ತಪ್ಪಾಗಿ ಕೇಳಿಸಿಕೊಂಡ ಮಾತು ಪಠ್ಯದಲ್ಲಿ ಇದ್ದಾಗ ಅಷ್ಟಿಷ್ಟು ಕಣ್ಣಿಗೆ ಬೀಳುತ್ತದೆ. ಅದೇ ತಪ್ಪು ಸಾರಾಂಶಕ್ಕೆ ಹೋದರೆ ಅಚ್ಚುಕಟ್ಟಾದ ವಾಕ್ಯದೊಳಗೆ ಸೇರಿಕೊಂಡುಬಿಡುತ್ತದೆ. ಓದಿದವರಿಗೆ ಅನುಮಾನವೇ ಬರುವುದಿಲ್ಲ. ಅದಕ್ಕೇ ತಿದ್ದುವ ಕೆಲಸ ಸಾರಾಂಶಕ್ಕೆ ಮುಂಚೆ ಆಗಬೇಕು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಬಗ್ಗೆ ಅಂಥದೊಂದು ಕರೆ ನಡೆದಿದೆ ಎಂದಿಟ್ಟುಕೊಂಡು, ಒಂದೊಂದೇ ಹಂತ ನೋಡೋಣ.

ಮೊದಲು ಒಂದು ಪದಪಟ್ಟಿ

ರೆಕಾರ್ಡಿಂಗನ್ನು ಸಾಫ್ಟ್‌ವೇರ್‌ಗೆ ಕೊಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕರೆಯಲ್ಲಿ ಬಂದಿರುವ ಅಥವಾ ಬಂದಿರಬಹುದಾದ ಹೆಸರು, ಊರು, ಔಷಧಿ, ಸಲಕರಣೆ ಎಲ್ಲವನ್ನೂ ಸರಿಯಾದ ಕಾಗುಣಿತದಲ್ಲಿ ಬರೆದುಕೊಳ್ಳಿ. ಜನರ ಹೆಸರಿಗೆ ಗುಂಪಿನ ಸದಸ್ಯರ ಪಟ್ಟಿ ನೋಡಿ. ಕೆಲಸದ ಪದಗಳಿಗೆ ಹಿಂದಿನ ಸಭೆಯ ನಡಾವಳಿ ಸಾಕು. ಹೆಸರುಗಳನ್ನು ನೆನಪಿನಿಂದ ಬರೆಯಬೇಡಿ. ಶಿರಸಿ, ಸಿದ್ದಾಪುರದ ಕಡೆ ‘ಹೆಗಡೆ’ ಎಂದು ಬರೆದುಕೊಳ್ಳುತ್ತಾರೆ, ಕರಾವಳಿಯಲ್ಲಿ ‘ಹೆಗ್ಡೆ’ ಎನ್ನುವವರು ಜಾಸ್ತಿ. ಕಿವಿಗೆ ಎರಡೂ ಒಂದೇ ಥರ ಕೇಳಬಹುದು, ಸಾಫ್ಟ್‌ವೇರ್‌ಗಂತೂ ಗೊತ್ತಾಗುವುದೇ ಇಲ್ಲ.

ಈ ಪಟ್ಟಿಯಿಂದ ಎರಡು ಉಪಯೋಗ. ಒಂದು, ಆಮೇಲೆ ತಿದ್ದುವಾಗ ಇದೇ ಅಳತೆಗೋಲು. ಇನ್ನೊಂದು, ಕೆಲವು ಸಾಫ್ಟ್‌ವೇರ್‌ಗಳಿಗೆ ಇದನ್ನು ಮೊದಲೇ ಸುಳಿವಾಗಿ ಕೊಡಬಹುದು. ಓಪನ್‌ಎಐ 2022ರಲ್ಲಿ ಬಿಟ್ಟ, ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದಾದ ವಿಸ್ಪರ್‌ನಲ್ಲಿ ಹೀಗೆ ಕೊಡುತ್ತಾರೆ:

```
whisper kare.m4a --model large-v3 --language kn --initial_prompt "ಕೊಳೆರೋಗ, ಬೋರ್ಡೋ ದ್ರಾವಣ, ಮೈಲುತುತ್ತ, ಸುಣ್ಣ, ಕೊನೆಗಾರ, ಶಿರಸಿ"
```

ಇದಕ್ಕೆ ಮಿತಿ ಇದೆ. ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಓದುತ್ತದೆ. ಹೀಗೆ ಕೊಟ್ಟ ಸುಳಿವು ನೇರವಾಗಿ ಸಿಗುವುದು ಮೊದಲ ತುಂಡಿಗೆ ಮಾತ್ರ. ಮುಂದಿನ ತುಂಡುಗಳು ಹಿಂದೆ ಬರೆದದ್ದನ್ನು ನೋಡಿಕೊಂಡು ಹೋಗುತ್ತವೆ, ಹಾಗಾಗಿ ಕರೆ ಉದ್ದವಾದಷ್ಟೂ ಸುಳಿವಿನ ಬಲ ಕಡಿಮೆಯಾಗುತ್ತದೆ. ಸುಳಿವಿಗೆ ಸಿಗುವ ಜಾಗವೂ ಚಿಕ್ಕದು, ಕನ್ನಡ ಲಿಪಿ ಆ ಜಾಗವನ್ನು ಬೇಗ ತುಂಬಿಸಿಬಿಡುತ್ತದೆ. ಪಟ್ಟಿಯಲ್ಲಿ ನೂರು ಪದ ಇದ್ದರೂ ಇಲ್ಲಿ ಹತ್ತು ಹದಿನೈದು ಕೊಟ್ಟರೆ ಸಾಕು. ಮಾಮೂಲಿ ಪದ ಬಿಟ್ಟು, ಕರೆಯಲ್ಲಿ ಮತ್ತೆ ಮತ್ತೆ ಬರುವ ಅಪರೂಪದ ಪದಗಳನ್ನೇ ಆರಿಸಿ.

ಮೂಲ ಪ್ರತಿ ಮುಟ್ಟಬೇಡಿ

ಬಂದ ಪಠ್ಯವನ್ನು ಸಮಯದ ಗುರುತಿನ ಸಮೇತ ಉಳಿಸಿಕೊಳ್ಳಿ. ಯಾವ ವಾಕ್ಯ ಎಷ್ಟನೇ ನಿಮಿಷದ್ದು ಎಂದು ಗೊತ್ತಿರಬೇಕು. ಆಮೇಲೆ ಅದರ ನಕಲು ಮಾಡಿ, ನಕಲಿನಲ್ಲೇ ತಿದ್ದಿ. ಹೋಲಿಸಿ ನೋಡಲು ಮೂಲ ಬೇಕೇ ಬೇಕು.

ಹೆಸರು ಮತ್ತು ಕೆಲಸದ ಪದಗಳು

ಈಗ ಪಠ್ಯವನ್ನು ಒಮ್ಮೆ ಓದಿ. ಮೊದಲ ಓದಿನಲ್ಲಿ ರೆಕಾರ್ಡಿಂಗ್ ಕೇಳಬೇಕಿಲ್ಲ, ಅರ್ಥ ಕೂಡದ ಕಡೆ ಗುರುತು ಹಾಕುತ್ತಾ ಹೋಗಿ. ಕೊಳೆರೋಗ ‘ಕೊಲೆ ರೋಗ’ ಆಗಿದ್ದರೆ ತಕ್ಷಣ ಸಿಗುತ್ತದೆ. ‘ಬಾರ್ಡರ್ ದ್ರಾವಣ’ ಅಂದರೆ ಬೋರ್ಡೋ ದ್ರಾವಣ ಎಂದು ಅಡಿಕೆ ಗೊತ್ತಿರುವವರಿಗೆ ಹೇಳಬೇಕಿಲ್ಲ. ಒಂದೇ ಊರು ಮೂರು ಥರ ಬರೆದಿದ್ದರೂ ಗೊತ್ತಾಗುತ್ತದೆ.

ಕಷ್ಟ ಇರುವುದು ಓದಲು ಸರಿಯಾಗೇ ಇರುವ ತಪ್ಪುಗಳಲ್ಲಿ. ‘ಕೊನೆಗೆ ಅವರು ಸೋಮವಾರ ಬರ್ತಾರೆ’ ಎಂದಿದೆ ಅನ್ನಿ. ವಾಕ್ಯದಲ್ಲಿ ಏನೂ ಕೊರತೆ ಕಾಣುವುದಿಲ್ಲ. ಆದರೆ ಮಾತಾಡಿದವರು ಹೇಳಿದ್ದು ‘ಕೊನೆಗಾರರು ಸೋಮವಾರ ಬರ್ತಾರೆ’ ಎಂದು. ಮರ ಹತ್ತಿ ಔಷಧಿ ಹೊಡೆಯುವವರು ಯಾವತ್ತು ಸಿಗುತ್ತಾರೆ ಎಂಬುದು ಆ ಕರೆಯ ಮುಖ್ಯ ವಿಷಯಗಳಲ್ಲಿ ಒಂದು. ಸಾರಾಂಶದಲ್ಲಿ ಅದು ಮಾಯವಾಗಿಬಿಡುತ್ತದೆ. ಹಾಗೇ ‘ಮೇಲಿನಮನೆ ಹೆಗಡೇರು’ ಎಂದು ಒಬ್ಬರನ್ನು ಗುರುತಿಸಿ ಕರೆದರೆ, ‘ಮೇಲಿನ ಮನೆ’ ಎಲ್ಲೋ ಇರುವ ಕಟ್ಟಡವಾಗುತ್ತದೆ. ಕರೆಯಲ್ಲಿ ನಾಲ್ವರು ಹೆಗಡೆಯವರಿದ್ದರೆ ಯಾರು ಏನು ಒಪ್ಪಿಕೊಂಡರು ಎಂಬುದೇ ಕಲಸಿಹೋಗುತ್ತದೆ.

ಇಂಥವನ್ನು ಹಿಡಿಯಲು ಒಂದು ಉಪಾಯ ಇದೆ. ನಿಮ್ಮ ಪದಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪಠ್ಯದಲ್ಲಿ ಒಮ್ಮೆಯೂ ಬರದ ಪದ ಯಾವುದು ನೋಡಿ. 40 ನಿಮಿಷ ಔಷಧಿ ಹೊಡೆಯುವ ಬಗ್ಗೆ ಮಾತಾಡಿ ‘ಕೊನೆಗಾರ’ ಎಂಬ ಪದವೇ ಬಂದಿಲ್ಲ ಅಂದರೆ ನಂಬುವ ಮಾತಲ್ಲ. ಅದು ಇನ್ಯಾವುದೋ ವೇಷದಲ್ಲಿ ಕೂತಿದೆ, ಹುಡುಕಬೇಕು.

‘ಎಲ್ಲ ಬದಲಿಸು’ ಒತ್ತುವ ಮುಂಚೆ

ತಪ್ಪು ಪದ ಸಿಕ್ಕ ಮೇಲೆ ಹುಡುಕಿ ಬದಲಿಸುವ ಸೌಲಭ್ಯದಿಂದ ಒಟ್ಟಿಗೆ ತಿದ್ದಬಹುದು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಸ್ವಲ್ಪ ಎಚ್ಚರ ಬೇಕು. ‘ಕೊಲೆ ರೋಗ’ ಸುಲಭ. ‘ಕೊಲೆ ರೋಗಕ್ಕೆ’, ‘ಕೊಲೆ ರೋಗದ’ ಎಲ್ಲದರಲ್ಲೂ ಮೊದಲ ಭಾಗ ಒಂದೇ, ಅದನ್ನಷ್ಟೇ ಬದಲಿಸಿದರೆ ಪ್ರತ್ಯಯ ತಾನಾಗಿ ಉಳಿಯುತ್ತದೆ. ಪೂರ್ತಿ ಪದ ಮಾತ್ರ ಹುಡುಕು ಎಂದು ಗುರುತು ಹಾಕಿದ್ದರೆ ಇವೆಲ್ಲ ತಪ್ಪಿಹೋಗುತ್ತವೆ, ಆ ಗುರುತು ತೆಗೆಯಿರಿ. ‘ಕೊಲೆರೋಗ’ ಎಂದು ಕೂಡಿಸಿ ಬರೆದಿರುವ ಕಡೆಗೆ ಇನ್ನೊಮ್ಮೆ ಹುಡುಕಿ.

‘ಸುಣ್ಣ’ದ ಕಥೆ ಬೇರೆ. ಸಾಫ್ಟ್‌ವೇರ್ ಅದನ್ನು ‘ಸಣ್ಣ’ ಎಂದು ಬರೆದಿರುತ್ತದೆ. ಎಲ್ಲ ‘ಸಣ್ಣ’ವನ್ನೂ ಬದಲಿಸಿದರೆ ‘ಸಣ್ಣ ತೋಟ’ ಹೋಗಿ ‘ಸುಣ್ಣ ತೋಟ’ ಆಗುತ್ತದೆ. ತಪ್ಪು ರೂಪವೂ ಕನ್ನಡದ ಒಳ್ಳೆಯ ಪದವೇ ಆಗಿದ್ದರೆ ಒಟ್ಟಿಗೆ ಬದಲಿಸಬೇಡಿ. ಒಂದೊಂದೇ ಜಾಗಕ್ಕೆ ಹೋಗಿ ಅಕ್ಕಪಕ್ಕದ ಪದ ನೋಡಿ ತಿದ್ದಿ.

ಅಂಕಿ ಮತ್ತು ‘ಬೇಡ’ಗಳು

ಇಲ್ಲಿ ಮಾತ್ರ ರೆಕಾರ್ಡಿಂಗ್ ಕೇಳದೆ ಮುಂದೆ ಹೋಗಬಾರದು. ಬೋರ್ಡೋ ದ್ರಾವಣ ಮಾಡುವ ಬಗೆ ಹೇಳುವ ಒಂದು ತುಣುಕು ನೋಡಿ. ಸಾಫ್ಟ್‌ವೇರ್ ಬರೆದದ್ದು ಹೀಗೆ:

“ಒಂದು ಕೆಜಿ ಮೈಲು ತುತ್ತ, ಒಂದು ಕೆಜಿ ಸಣ್ಣ. ಎರಡನ್ನೂ ಬೇರೆ ಬೇರೆ ಫಿಫ್ಟೀನ್ ಲೀಟರ್ ನೀರಲ್ಲಿ ಕರಗಿಸ್ಕೊಳ್ಳಿ. ಕಬ್ಬಿಣದ ಪಾತ್ರೆಯಲ್ಲಿ ಮಾಡಬಹುದು.”

ನಮ್ಮಲ್ಲಿ ಕನ್ನಡ ಮಾತಾಡುತ್ತಲೇ ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೇಳುವುದು ರೂಢಿ. ‘ಹದಿನೈದು’, ‘ಐವತ್ತು’ ಎಂದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಫಿಫ್ಟೀನ್, ಫಿಫ್ಟಿ ನಡುವೆ ಇರುವ ವ್ಯತ್ಯಾಸ ಕೊನೆಯ ಚೂರು ದನಿಯಲ್ಲಿ. ಫೋನಿನಲ್ಲಿ ಅದೇ ಮೊದಲು ಕಳೆದುಹೋಗುತ್ತದೆ. ಥರ್ಟೀನ್, ಥರ್ಟಿಯಿಂದ ಹಿಡಿದು ನೈಂಟೀನ್, ನೈಂಟಿಯವರೆಗೂ ಇದೇ ಪಾಡು.

ಇದನ್ನು ಪಠ್ಯದ ಒಳಗಿಂದಲೇ ಪರೀಕ್ಷಿಸಬಹುದು. ಎರಡು ನಿಮಿಷದ ನಂತರ ಅದೇ ತಜ್ಞರು ‘ಒಂದು ಪರ್ಸೆಂಟ್ ದ್ರಾವಣ ಸಾಕು’ ಎಂದಿದ್ದಾರೆ ಅನ್ನಿ. ಒಂದು ಪರ್ಸೆಂಟ್ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ. 50 ಮತ್ತು 50 ಸೇರಿದರೆ 100, ಲೆಕ್ಕ ಕೂಡುತ್ತದೆ. 15 ಮತ್ತು 15 ಸೇರಿದರೆ 30 ಲೀಟರ್ ಮಾತ್ರ, ದ್ರಾವಣ ಮೂರು ಪಟ್ಟಿಗಿಂತ ಜಾಸ್ತಿ ಗಟ್ಟಿಯಾಗುತ್ತದೆ. ಅಂದರೆ ಇಲ್ಲಿ ಫಿಫ್ಟಿಯೇ ಇರಬೇಕು. ಆದರೂ ಆ ಜಾಗಕ್ಕೆ ಹೋಗಿ ಕೇಳಿ, ಆಮೇಲೆ ತಿದ್ದಿ.

ಕೊನೆಯ ವಾಕ್ಯ ಇನ್ನೂ ಅಪಾಯದ್ದು. ತಜ್ಞರು ಹೇಳಿದ್ದು ‘ಮಾಡಬಾರದು’. ಮೈಲುತುತ್ತದ ದ್ರಾವಣ ಕಬ್ಬಿಣಕ್ಕೆ ತಗುಲಿದರೆ ಅದರಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂತುಬಿಡುತ್ತದೆ, ಅದಕ್ಕೇ ಪ್ಲಾಸ್ಟಿಕ್ ಡ್ರಮ್ ಬಳಸಲು ಹೇಳುತ್ತಾರೆ. ಕನ್ನಡದಲ್ಲಿ ಬೇಕೋ ಬೇಡವೋ ಎಂಬುದು ಕ್ರಿಯಾಪದದ ಬಾಲದಲ್ಲಿರುತ್ತದೆ: ಮಾಡಬಹುದು, ಮಾಡಬಾರದು; ಹಾಕಬೇಕು, ಹಾಕಬೇಡಿ; ಆಗುತ್ತೆ, ಆಗಲ್ಲ. ವಾಕ್ಯ ಮುಗಿಯುವಾಗ ಎಲ್ಲರ ದನಿಯೂ ಇಳಿಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ‘ಹ್ಞಾಂ ಹ್ಞಾಂ’ ಎಂದು ಬಾಯಿ ಹಾಕಿರುತ್ತಾರೆ. ಹಾಗಾಗಿ ಸಾರಾಂಶಕ್ಕೆ ಹೋಗಲಿರುವ ಪ್ರತಿ ಸೂಚನೆಯ ಕೊನೆಯ ಪದವನ್ನು ಕಿವಿಯಿಂದಲೇ ಖಚಿತಪಡಿಸಿಕೊಳ್ಳಿ. ಸ್ವಲ್ಪ ಹಿಂದಿನಿಂದ, ನಿಧಾನ ವೇಗದಲ್ಲಿ, ಇಯರ್‌ಫೋನ್ ಹಾಕಿಕೊಂಡು ಕೇಳಿ.

ಎಷ್ಟು ಕೇಳಿದರೂ ತಿಳಿಯದಿದ್ದರೆ ಊಹಿಸಬೇಡಿ. ‘[ಸ್ಪಷ್ಟವಿಲ್ಲ, 12:40]’ ಎಂದು ಬರೆದು ಮಾತಾಡಿದವರಿಗೇ ಫೋನ್ ಮಾಡಿ ಕೇಳಿ. ಔಷಧಿಯ ಪ್ರಮಾಣದ ವಿಷಯದಲ್ಲಿ ಇದನ್ನು ಬಿಡುವ ಹಾಗೇ ಇಲ್ಲ.

ತಿದ್ದುವಾಗ ಒಂದು ಗೆರೆ ದಾಟಬಾರದು. ನಾವು ತಿದ್ದುವುದು ಸಾಫ್ಟ್‌ವೇರ್ ಕೇಳಿಸಿಕೊಂಡ ತಪ್ಪನ್ನು, ಮಾತಾಡಿದವರನ್ನಲ್ಲ. ಎರಡನೇ ಸಲದ ಸಿಂಪಡಣೆ 40ರಿಂದ 45 ದಿನಕ್ಕೆ ಎಂದು ನಿಮಗೆ ಗೊತ್ತಿದೆ, ಸದಸ್ಯರೊಬ್ಬರು ‘ಅರವತ್ತು ದಿನ ಬಿಟ್ಟು’ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಪಠ್ಯದಲ್ಲಿ ಅರವತ್ತೇ ಇರಲಿ. ಅದು ತಪ್ಪು ಎನಿಸಿದರೆ ಸಾರಾಂಶದ ಕೆಳಗೆ ನಿಮ್ಮ ಟಿಪ್ಪಣಿಯಾಗಿ ಬೇರೆ ಬರೆಯಿರಿ.

ಯಾರೂ ಆಡದ ಮಾತು

ಇನ್ನೊಂದು ಥರದ ತಪ್ಪಿದೆ. ಎಲ್ಲರೂ ಸುಮ್ಮನಿದ್ದಾಗ ಅಥವಾ ಬರೀ ಮಳೆಯ ಸದ್ದು ಇದ್ದಾಗ ವಿಸ್ಪರ್‌ನಂಥ ಸಾಫ್ಟ್‌ವೇರ್ ಯಾರೂ ಆಡದ ಮಾತನ್ನು ತಾನೇ ಬರೆಯುವುದುಂಟು. ವಿಡಿಯೊದ ಕೊನೆಯಲ್ಲಿ ಬರುವ ಧನ್ಯವಾದದಂಥ ಸಾಲು, ಅಥವಾ ಒಂದೇ ವಾಕ್ಯ ಐದಾರು ಸಲ ಕಂಡರೆ ಸಮಯದ ಗುರುತು ನೋಡಿ ಆ ಜಾಗ ಕೇಳಿ. ಮಾತಿಲ್ಲದಿದ್ದರೆ ಅಳಿಸಿ.

ಈಗ ಸಾರಾಂಶ

ತಿದ್ದಿದ ಪಠ್ಯದಿಂದ ಸಾರಾಂಶ ಮಾಡಿ. ನೀವೇ ಬರೆದರೂ ಸರಿ, ಸಾಫ್ಟ್‌ವೇರ್‌ನಿಂದ ಬರೆಸಿದರೂ ಸರಿ, ಅದರಲ್ಲಿರುವ ಪ್ರತಿ ಅಂಕಿ, ಪ್ರತಿ ಹೆಸರು, ಪ್ರತಿ ‘ಬೇಡ’ದ ಎದುರು ಅದು ಎಷ್ಟನೇ ನಿಮಿಷದ್ದು ಎಂದು ಬರೆದುಕೊಳ್ಳಿ. ನಿಮಿಷ ಸಿಗದ ಸಾಲು ಇದ್ದರೆ ಅದನ್ನು ತೆಗೆಯಿರಿ. ನಮ್ಮ ತುಣುಕು ಸಾರಾಂಶದಲ್ಲಿ ಹೀಗಾಗುತ್ತದೆ: “1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ ಕರಗಿಸುವುದು. ಕಬ್ಬಿಣದ ಪಾತ್ರೆ ಬಳಸಬಾರದು. (8:15)”

ತಿದ್ದಿದ ಜೋಡಿಗಳನ್ನು, ತಪ್ಪು ಒಂದು ಕಡೆ ಸರಿ ಇನ್ನೊಂದು ಕಡೆ, ಒಂದು ಕಡತದಲ್ಲಿ ಉಳಿಸಿಡಿ. ಎರಡನೇ ಸಿಂಪಡಣೆಯ ಹೊತ್ತಿಗೆ ಮತ್ತೆ ಕರೆ ನಡೆಯುತ್ತದೆ, ಅದೇ ಜನ, ಅದೇ ಪದಗಳು. ‘ಕೊಲೆ ರೋಗ’, ‘ಬಾರ್ಡರ್ ದ್ರಾವಣ’ದಂಥವನ್ನು ಆಗ ಕಣ್ಣುಮುಚ್ಚಿ ಬದಲಿಸಬಹುದು. ಸಣ್ಣ–ಸುಣ್ಣ, ಫಿಫ್ಟೀನ್–ಫಿಫ್ಟಿ, ಮಾಡಬಹುದು–ಮಾಡಬಾರದು ಇವನ್ನು ಮಾತ್ರ ಬೇರೆ ಪಟ್ಟಿ ಮಾಡಿ, ಮೇಲೆ ‘ಕೇಳಿಯೇ ತಿದ್ದಬೇಕು’ ಎಂದು ಬರೆದಿಡಿ.